ಶಿಶುನಾಮಗಳ ಪರಿವರ್ತನೆ: ಗಲಗಲಿ ಸೀಮೆಯ ಇತಿಹಾಸ

ಹುಟ್ಟಿದ ಕೂಸಿಗೆ ಹಿರಿಯರು ಇಡುವ ಹೆಸರು ಆ ಮನೆಯವರ ಸ್ವಂತ ಆಯ್ಕೆಯೆಂದು ತೋರಿದರೂ, ಒಂದು ಸೀಮೆಯಲ್ಲಿ ಒಂದು ಕಾಲಕ್ಕೆ ಹುಟ್ಟಿದ ಮಕ್ಕಳ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅವು ಆ ಕಾಲದ ದೈವಭಕ್ತಿ, ಭಯ, ರಾಜಾಶ್ರಯ, ವಿದ್ಯೆ ಮತ್ತು ಅಭಿರುಚಿಗಳಿಂದ ರೂಪುಗೊಂಡವೆಂಬುದು ಸ್ಪಷ್ಟವಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿರುವ, ಗಾಲವ ಋಷಿಯ ಕ್ಷೇತ್ರವೆಂದು ಐತಿಹ್ಯವುಳ್ಳ ಗಲಗಲಿ, ಹಾಗೂ ಅದರ ಸುತ್ತಲಿನ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳು ಈ ಪರಿವರ್ತನೆಯನ್ನು ಸಾವಿರ ವರ್ಷಗಳ ಹರವಿನಲ್ಲಿ ತೋರಿಸಬಲ್ಲ ಪ್ರದೇಶಗಳಾಗಿವೆ.

ಈ ಸೀಮೆಯ ನಾಮಕರಣದ ಕುರಿತು ನಮಗೆ ದೊರೆಯುವ ಅತ್ಯಂತ ಆತ್ಮೀಯವಾದ ಸಾಕ್ಷ್ಯವು ಮುಧೋಳದ ಕವಿ ರನ್ನನ ಮನೆಯದು. ಕ್ರಿ.ಶ. 949ರಲ್ಲಿ ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಅಣ್ಣಂದಿರು ದೃಢಬಾಹು, ರೇಚಣ ಮತ್ತು ಮಾರಯ್ಯ. ಹೆಂಡಿರು ಜಕ್ಕಿ ಮತ್ತು ಶಾಂತಿ. ಒಂದೇ ಸೂರಿನಡಿಯಲ್ಲಿ ದೃಢಬಾಹುವಿನಂಥ ಶುದ್ಧ ಸಂಸ್ಕೃತ ನಾಮವೂ ರೇಚಣ, ಮಾರಯ್ಯರಂಥ ಅಚ್ಚ ದೇಸಿ ಹೆಸರುಗಳೂ ಕೂಡಿ ಬಾಳಿದುದನ್ನು ನೋಡಿದರೆ, ಸಂಸ್ಕೃತದ ಮೋಹವು ಇಂದಿನವರಿಗೆ ಹೊಸದಾಗಿ ಅಂಟಿದುದೆಂಬ ಮಾತು ನಿಲ್ಲಲಾರದು. ಇನ್ನೂ ಗಮನಾರ್ಹವಾದುದೆಂದರೆ ರನ್ನನು ತನ್ನ ಮಕ್ಕಳಿಗೆ ಇಟ್ಟ ಹೆಸರುಗಳು: ತನ್ನನ್ನು ಪೊರೆದ ಚಾವುಂಡರಾಯನ ನೆನಪಿಗೆ ಮಗನನ್ನು ರಾಯನೆಂದೂ, ತನ್ನಿಂದ ಅಜಿತಪುರಾಣವನ್ನು ಬರೆಯಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ ಮಗಳನ್ನು ಅತ್ತಿಮಬ್ಬೆಯೆಂದೂ ಆತನು ಕರೆದನು. ತಾನು ಮೆಚ್ಚಿದ ಮಹನೀಯರ ಹೆಸರನ್ನು ತನ್ನ ಕೂಸಿಗೆ ಇಡುವ ಪದ್ಧತಿಗೆ, ಮುಂದೆ ನಾಯಕರ ಮತ್ತು ನಟರ ಹೆಸರುಗಳು ತೊಟ್ಟಿಲುಗಳನ್ನು ತುಂಬಿದುದಕ್ಕೆ, ಇದಕ್ಕಿಂತ ಹಳೆಯದೂ ಖಚಿತವೂ ಆದ ನಿದರ್ಶನವು ಈ ಸೀಮೆಯಲ್ಲಿ ಬೇರೊಂದಿಲ್ಲ.

ಅಬ್ಬಲಬ್ಬೆ, ಅತ್ತಿಮಬ್ಬೆಗಳ ಅಬ್ಬೆಯೆಂಬ ಕೊನೆಯು ಕಾಲಾಂತರದಲ್ಲಿ ಅವ್ವೆಯಾಗಿ, ಅವ್ವವಾಗಿ ಸವೆದು ನಿಂತಿತು. ಹರಿದಾಸ ಸಾಹಿತ್ಯದಲ್ಲಿ ಪ್ರಸಿದ್ಧಳಾದ ಗಲಗಲಿಯ ಕವಯಿತ್ರಿಯು ಜನರ ಬಾಯಲ್ಲಿ ಗಲಗಲಿ ಅವ್ವ ಎಂದೇ ಉಳಿದುದು ಆ ಪ್ರತ್ಯಯಕ್ಕಿದ್ದ ಗೌರವಕ್ಕೆ ಸಾಕ್ಷಿಯಾಗಿದೆ. ಹನ್ನೆರಡನೆಯ ಶತಮಾನದ ಶರಣರ ಆಂದೋಲನವು ಬಸವ, ಸಂಗಮ, ನೀಲಮ್ಮ, ಗಂಗಾಂಬಿಕೆಯರ ಹೆಸರುಗಳಿಗೆ ಪಾವಿತ್ರ್ಯವನ್ನು ತಂದುಕೊಟ್ಟ ಮೇಲೆ, ಬಸಪ್ಪ, ಬಸವ್ವ, ಸಂಗಪ್ಪ, ಸಂಗವ್ವ, ನೀಲವ್ವ, ಗಂಗವ್ವ ಎಂಬಿವು ಶತಮಾನಗಳ ಕಾಲ ಈ ಸೀಮೆಯ ಸಾಮಾನ್ಯ ಸಂಪತ್ತಾದುವು. ಇವುಗಳ ಜೊತೆಗೆ ಊರೂರಿನ ದೈವವು ತನ್ನ ಭಕ್ತರ ಮಕ್ಕಳಿಗೆ ತನ್ನ ಹೆಸರನ್ನು ಹಂಚುತ್ತಿದ್ದಿತು. ಬನಹಟ್ಟಿಯ ಕಾಡಸಿದ್ಧೇಶ್ವರನಿಂದ ಕಾಡಪ್ಪ, ಮಹಾಲಿಂಗಪುರದ ಮಹಾಲಿಂಗೇಶ್ವರನಿಂದ ಮಹಾಲಿಂಗಪ್ಪ, ತೇರದಾಳದ ಅಲ್ಲಮಪ್ರಭುವಿನಿಂದ ಪ್ರಭು, ಯಲಗೂರಿನ ಹನುಮಂತನಿಂದ ಯಲಗೂರಪ್ಪ, ಸವದತ್ತಿಯ ದೇವಿಯಿಂದ ಯಲ್ಲಪ್ಪ, ಯಲ್ಲವ್ವ ಎಂದು ಹೆಸರು ಕೇಳಿದೊಡನೆ ಆ ಮನೆಯವರು ಯಾವ ಗುಡಿಗೆ ನಡೆದುಕೊಳ್ಳುವರೆಂಬುದನ್ನು ಊಹಿಸಬಹುದಾಗಿದ್ದಿತು.

ಇನ್ನೊಂದು ವರ್ಗದ ಹೆಸರುಗಳು ಭಕ್ತಿಗಿಂತ ಭಯದಿಂದ ಹುಟ್ಟಿದವು. ಮೇಲಿಂದ ಮೇಲೆ ಕೂಸುಗಳನ್ನು ಕಳೆದುಕೊಂಡ ತಾಯಿಯು, ಚೆಲುವಾದ ಹೆಸರಿನ ಮೇಲೆ ಯಮನ ಕಣ್ಣು ಬೀಳಬಾರದೆಂದು, ಉಳಿದ ಮಗುವನ್ನು ತಿಪ್ಪೆಯ ಹೆಸರಿನಿಂದ ತಿಪ್ಪಣ್ಣನೆಂದೋ ತಿಪ್ಪವ್ವನೆಂದೋ, ಕಲ್ಲಿನಂತೆ ಬಾಳಲೆಂದು ಗುಂಡಪ್ಪನೆಂದೋ, ಬೇಡಿ ಪಡೆದುದೆಂದು ತಿರಕಪ್ಪನೆಂದೋ ಕರೆಯುತ್ತಿದ್ದಳು. ಹೆಣ್ಣು ಮಕ್ಕಳು ಸಾಲಾಗಿ ಹುಟ್ಟಿದ ಮನೆಯಲ್ಲಿ ಇನ್ನು ಸಾಕೆಂದು ಸಾಕವ್ವನೆಂಬ ಹೆಸರಿಟ್ಟುದೂ ಉಂಟು. ನೆರೆಯ ಮಹಾರಾಷ್ಟ್ರದ ನಕುಶಾ ಎಂಬ ಹೆಸರೂ ಇದೇ ಭಾವದ್ದು, ಮತ್ತು 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಆ ಹೆಸರಿನ 285 ಹೆಣ್ಣುಮಕ್ಕಳಿಗೆ ಅಧಿಕೃತವಾಗಿಯೇ ಹೊಸ ಹೆಸರುಗಳನ್ನು ಇಡಲಾಯಿತು. ಬಾಣಂತಿಯರ ಆರೈಕೆಯೂ ಲಸಿಕೆಗಳೂ ಹಳ್ಳಿಗಳನ್ನು ತಲುಪಿ ಶಿಶುಮರಣವು ಇಳಿದಂತೆ ಕಾಪಿನ ಹೆಸರುಗಳು ತಾವಾಗಿಯೇ ನಿಂತುಹೋದುವು. ಹಳೆಯದೆಲ್ಲ ಮರಳಲೆಂದು ಹಾರೈಸುವವರು ಕೂಡ ಇವು ಮರಳಲೆಂದು ಹಾರೈಸತಕ್ಕದ್ದಲ್ಲ.

ಹೆಸರುಗಳು ತಲೆಮಾರುಗಳನ್ನು ದಾಟಿ ಬರುವ ಬಗೆಯನ್ನು ಅರಿಯಬೇಕಾದರೆ ತೊಟ್ಟಿಲ ಶಾಸ್ತ್ರವನ್ನು ನೋಡಬೇಕು. ಹುಟ್ಟಿದ ಹನ್ನೆರಡನೆಯ ಅಥವಾ ಹದಿಮೂರನೆಯ ದಿನ ಮುತ್ತೈದೆಯರು ಕೂಡಿ ಕೂಸನ್ನು ತೊಟ್ಟಿಲಿಗೆ ಹಾಕುವರು. ಸೋದರತ್ತೆಯು ಬಾಗಿ ಅದರ ಕಿವಿಯಲ್ಲಿ ಹೆಸರನ್ನು ಉಸುರುವಳು. ಬಂದವರಿಗೆ ಗುಗ್ಗರಿ ಹಂಚುವರು. ತೀರಿಹೋದ ಮುತ್ಯಾನ ಹೆಸರನ್ನು ಮೊಮ್ಮಗನಿಗೂ ಆಯಿಯ ಹೆಸರನ್ನು ಮೊಮ್ಮಗಳಿಗೂ ಇಡುವುದು ಹಿಂದಿನಿಂದ ಬಂದ ರೂಢಿ. ಇದರ ಫಲವಾಗಿ ಒಂದೇ ಹೆಸರು ಒಂದು ತಲೆಮಾರನ್ನು ಬಿಟ್ಟು ಮುಂದಿನದರಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿದ್ದಿತು. ಆದರೆ ಮಾವನ ಹೆಸರನ್ನು ಸೊಸೆಯು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಮಗನು ಹಡೆದ ತಂದೆಯ ಹೆಸರು ಹಿಡಿದು ಕೂಸನ್ನು ಗದರಿಸುವಂತಿರಲಿಲ್ಲ. ಆದ್ದರಿಂದ ಇಟ್ಟ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು ಆಗಿ, ಮನೆಮಂದಿಯೆಲ್ಲ ಆ ಹುಡುಗನನ್ನು ಅಪ್ಪು ಎಂದೋ ಮುತ್ಯಾ ಎಂದೋ ಕರೆಯುತ್ತ, ಹಿರಿಯನ ಹೆಸರನ್ನು ಶಾಲೆಗೂ ದಾಖಲೆಗೂ ಕಾಯ್ದಿಡುತ್ತಿದ್ದರು.

ಈ ಕ್ರಮವು ಸಡಿಲಗೊಂಡುದು ಇಪ್ಪತ್ತನೆಯ ಶತಮಾನದಲ್ಲಿ. ಜಮಖಂಡಿಯ ಪಟವರ್ಧನರೂ ಮುಧೋಳದ ಘೋರ್ಪಡೆಯವರೂ ಆಳುತ್ತಿದ್ದ ಕಾಲದಲ್ಲಿ ಮರಾಠಿಯು ಆಡಳಿತದ ಮತ್ತು ಪ್ರತಿಷ್ಠೆಯ ಭಾಷೆಯಾಗಿದ್ದುದರಿಂದ ಅಪ್ಪಾಸಾಹೇಬ, ಬಾಬುರಾವ, ಲಕ್ಷ್ಮೀಬಾಯಿ ಮೊದಲಾದ ಹೆಸರುಗಳು ಕನ್ನಡದ ಮನೆಗಳನ್ನೂ ಹೊಕ್ಕಿದ್ದುವು. ಇತ್ತ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದು, 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಯಿಸಿದ ಮೇಲೆ, ತಾಡವೋಲೆಗಳ ಕಟ್ಟುಗಳಲ್ಲಿ ಮಲಗಿದ್ದ ಶರಣ ಶರಣೆಯರ ಪೂರ್ಣನಾಮಗಳು ಓದುಬಲ್ಲವರ ಕಿವಿಗೆ ಬಿದ್ದುವು. ಮಹಾದೇವಿ, ನೀಲಾಂಬಿಕೆ, ಚನ್ನಬಸವ, ಅಲ್ಲಮಪ್ರಭು ಎಂಬ ಹೆಸರುಗಳಿಗೆ ದೊರೆತ ಹೊಸ ಚೈತನ್ಯವನ್ನು ಈ ಸೀಮೆಯ ಮೊದಲನೆಯ ನಾಮಪುನರಾಗಮನವೆಂದು ಗಣಿಸುವುದು ಉಚಿತ. ಒಬ್ಬ ವಕೀಲರು ಸ್ವಂತ ಮುದ್ರಣಾಲಯವಿಟ್ಟು ಮಾಡಿದ ತಪಸ್ಸು ತೊಟ್ಟಿಲಿನವರೆಗೆ ಮುಟ್ಟಿದುದು ಸಾಮಾನ್ಯ ಸಂಗತಿಯಲ್ಲ.

ಸ್ವಾತಂತ್ರ್ಯದ ಹೊತ್ತಿಗೆ ಸುಭಾಷ, ಸರೋಜಿನಿ, ಕಮಲಾ, ಇಂದಿರಾ ಎಂಬುವೂ, ಬಳಿಕ ಚಿತ್ರಮಂದಿರಗಳಿಂದ ರಾಜಕುಮಾರ, ಭಾರತಿ, ಕಲ್ಪನಾ ಎಂಬುವೂ ಬಂದುವು. ಅದೇ ವೇಳೆಗೆ ಒಳಗಿಂದೊಳಗೇ ಇನ್ನೊಂದು ಬದಲಾವಣೆ ನಡೆದಿದ್ದಿತು: ಬಸಪ್ಪನ ಮಗ ಬಸವರಾಜನಾದನು, ಸಂಗಪ್ಪನ ಮೊಮ್ಮಗ ಸಂಗಮೇಶನಾದನು, ಮಲ್ಲಪ್ಪನು ಮಲ್ಲಿಕಾರ್ಜುನನಾದನು. ಮನೆಯಲ್ಲಿ ಬಸ್ಯಾ ಎನಿಸಿಕೊಂಡಿದ್ದ ಹುಡುಗನು ಶಾಲೆಯ ದಾಖಲೆಯಲ್ಲಿ ಬಸವರಾಜನಾಗಲು ಎಷ್ಟೋ ಸಲ ಗುರುಗಳ ಲೇಖನಿಯೇ ಕಾರಣವಾಗುತ್ತಿದ್ದಿತು. ಗಂಡುಮಕ್ಕಳ ಹೆಸರಿನ ಮೂಲವು ಹೀಗೆ ಉಡುಪು ಬದಲಿಸಿ ಉಳಿದುಕೊಂಡಿತು. ಹೆಣ್ಣುಮಕ್ಕಳ ಪಾಲಿಗೆ ಅಷ್ಟು ಕೂಡ ಉಳಿಯಲಿಲ್ಲ. ಸಂಗವ್ವನ ಮೊಮ್ಮಗಳು ಸುಜಾತೆಯೋ ಗೀತೆಯೋ ಶೋಭೆಯೋ ಆದಳು, ಮತ್ತು ಅವ್ವ ಎಂಬ ಕೊನೆಯು ಹಳ್ಳಿತನದ ಗುರುತಾಗಿ ಪೇಟೆಯ ಕಾಲೇಜುಗಳಲ್ಲಿ ನಾಚಿಕೆಗೆ ಎಡೆಯಾಯಿತು. ಸಾವಿರ ವರ್ಷ ತಾಯ್ತನದ ಘನತೆಯನ್ನು ಹೊತ್ತ ಪ್ರತ್ಯಯಕ್ಕೆ ಒಂದೆರಡು ತಲೆಮಾರುಗಳಲ್ಲಿ ಒದಗಿದ ಈ ಅವಮಾನವು ಈ ಇತಿಹಾಸದಲ್ಲಿ ಅತ್ಯಂತ ಖೇದಕರವಾದ ಭಾಗವಾಗಿದೆ.

ಇತ್ತೀಚಿನ ದಶಕಗಳಲ್ಲಿ ಹೆಸರು ಎರಡು ಮೂರು ಅಕ್ಷರಗಳಿಗೆ ಕುಗ್ಗಿ, ದೇಶದ ಯಾವ ಮೂಲೆಯಲ್ಲಿಯೂ ಸಲ್ಲುವ ಆದ್ಯಾ, ಅನ್ವಿ, ವಿಹಾನ್ ಎಂಬ ಧ್ವನಿಗಳ ಕಡೆಗೆ ತಿರುಗಿತು. ಜನ್ಮನಕ್ಷತ್ರದ ಪಾದಕ್ಕೆ ಹೊಂದುವ ಅಕ್ಷರವನ್ನೇ ಹಿಡಿಯಬೇಕೆಂಬ ನಿಷ್ಠೆಯೂ ಇದಕ್ಕೆ ನೆರವಾಯಿತು. ರೋಹಿಣಿಯಲ್ಲಿ ಹುಟ್ಟಿದ ಕೂಸಿಗೆ ಓ, ವಾ, ವೀ, ವೂ ಎಂಬ ನಾಲ್ಕರಲ್ಲಿ ಒಂದು ಅಕ್ಷರ ಬೇಕೆಂದಾಗ, ಮುತ್ಯಾನ ಹೆಸರು ಸಂಗಪ್ಪನೆಂದಿದ್ದರೆ ಅದು ಆಗಲೇ ಹಿಂದೆ ಸರಿಯುವುದು. ಜನನವನ್ನು 21 ದಿನಗಳೊಳಗೆ ನೋಂದಾಯಿಸತಕ್ಕದ್ದೆಂಬ ನಿಯಮವು ಹಳೆಯದಾದರೂ, 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಶಾಲೆಯ ಪ್ರವೇಶ ಮೊದಲಾದವುಗಳಿಗೆ ಆಧಾರವಾಗಿರುವುದರಿಂದ, ಗುರುಗಳ ಲೇಖನಿಗಿದ್ದ ಅಧಿಕಾರವು ಮುಗಿದು, ತಂದೆತಾಯಿಗಳು ಮೊದಲು ಬರೆಯಿಸಿದ ಹೆಸರೇ ಸ್ಥಿರವಾಗುತ್ತದೆ.

ಹೀಗಿರುವಲ್ಲಿ ಕೆಲವು ಹಳೆಯ ಹೆಸರುಗಳು ಮರಳುತ್ತಿರುವುದು ಹೇಗೆ? ದೃಷ್ಟಾಂತಕ್ಕಾಗಿ ಒಂದು ಮನೆತನವನ್ನು ಕಲ್ಪಿಸಿಕೊಳ್ಳೋಣ: ಸಂಗಪ್ಪ, ಆತನ ಮಗ ಬಸವರಾಜ, ಮೊಮ್ಮಗ ಸಂತೋಷ, ಮತ್ತು ಸಂತೋಷನಿಗೆ ಈಗ ಹುಟ್ಟಿದ ಕೂಸು. ಸಂತೋಷನ ಕಿವಿಗೆ ಬಸವರಾಜನೆಂಬುದು ತಂದೆಯ ವಯಸ್ಸಿನವರ ಹೆಸರು. ತನ್ನ ಓರಗೆಯವರ ಹೆಸರುಗಳು ತರಗತಿಯಲ್ಲಿ ನಾಲ್ಕು ನಾಲ್ಕು ಜನರಿಗಿದ್ದು ಸವಕಲಾದವು. ಆದರೆ ಸಂಗಪ್ಪನನ್ನು ಆತನು ಮುದುಕನಾಗಿಯೇ ಅಲ್ಪಕಾಲ ಕಂಡವನು ಅಥವಾ ಕಾಣದವನಾದುದರಿಂದ, ಆ ಹೆಸರಿಗೆ ಹಳ್ಳಿತನದ ಕಳಂಕವು ತಗಲಿರದೆ ಮೂಲಪುರುಷನ ಗಾಂಭೀರ್ಯವಷ್ಟೇ ಉಳಿದಿರುತ್ತದೆ. ಅವನು ಅಪ್ಪ ಎಂಬ ಕೊನೆಯನ್ನು ಕಳಚಿ ಕೂಸಿಗೆ ಸಂಗಮನೆಂದು ಹೆಸರಿಡುತ್ತಾನೆ. ಅಮೆರಿಕದಲ್ಲಿ 1880ರ ಸುಮಾರಿನಲ್ಲಿ ಬಹು ಪ್ರಚಲಿತವಾಗಿದ್ದ ಎಮ್ಮಾ ಎಂಬ ಹೆಸರು ಮಧ್ಯದಲ್ಲಿ ಬಹುಕಾಲ ಹಿಂದೆ ಬಿದ್ದು, 2014ರಿಂದ 2018ರವರೆಗೆ ಅಲ್ಲಿನ ಹೆಣ್ಣುಮಕ್ಕಳ ಹೆಸರುಗಳಲ್ಲಿ ಮೊದಲನೆಯದಾದುದನ್ನು ನೋಡಿದರೆ, ಮೂರು ನಾಲ್ಕು ತಲೆಮಾರುಗಳ ಈ ಆವರ್ತನವು ನಮ್ಮಲ್ಲಿ ಮಾತ್ರವಿರುವುದಲ್ಲವೆಂದು ತಿಳಿಯುತ್ತದೆ. ನಮ್ಮಲ್ಲಿರುವ ವಿಶೇಷವೆಂದರೆ ಹೆಸರು ಇಡಿಯಾಗಿ ಮರಳದೆ ಅದರ ಮೂಲಧಾತುವು ಮಾತ್ರ ಮರಳುವುದು. ಬಸಪ್ಪನು ಬರಲಿಲ್ಲ, ಬಸವನು ಬಂದನು. ನೀಲವ್ವ ಬರಲಿಲ್ಲ, ನೀಲಾ ಬಂದಳು.

ಇಲ್ಲಿ ಎರಡು ವಿವೇಚನೆಗಳು ಅವಶ್ಯ. ಸಿರಿ, ಇಂಚರ, ಇಬ್ಬನಿ, ನೇಸರ ಮೊದಲಾದ ಹೆಸರುಗಳನ್ನು ಹಳೆಯ ಕನ್ನಡ ಹೆಸರುಗಳ ಪುನರಾಗಮನವೆಂದು ಹೇಳುವ ವಾಡಿಕೆಯಿದೆ. ಇವುಗಳಲ್ಲಿ ಹೆಚ್ಚಿನವು ನಮ್ಮ ಮುತ್ಯಾ ಆಯಿಯರ ಕಾಲದಲ್ಲಿ ಮನುಷ್ಯರ ಹೆಸರುಗಳಾಗಿರಲಿಲ್ಲ, ಕಾವ್ಯದ ಮತ್ತು ಮಾತಿನ ಪದಗಳಾಗಿದ್ದುವು. ಅವು ಸೊಗಸಾದ ಹೊಸ ಹೆಸರುಗಳೇ ಸರಿ, ಮರಳಿದವುಗಳಲ್ಲ. ಮಯೂರ, ಪುಲಕೇಶಿ, ಶಾಂತಲೆಯಂಥವು ಶಾಸನಗಳಿಂದ ನೇರವಾಗಿ ಬಂದುದೂ ಅಲ್ಲ. ಪಾಠಪುಸ್ತಕ, ಕಾದಂಬರಿ ಮತ್ತು ಚಲನಚಿತ್ರಗಳ ಮೂಲಕ ಬಂದುವು, ಮಯೂರನೆಂಬ ಹೆಸರಿಗೆ 1975ರ ಚಿತ್ರವು ಒದಗಿಸಿದ ಪ್ರಸಿದ್ಧಿಯನ್ನು ನೆನೆದರೆ ಸಾಕು. ಎರಡನೆಯದಾಗಿ, ಮರಳುವಿಕೆಯು ಮೊದಲು ಕಾಣುವುದು ಹುಬ್ಬಳ್ಳಿ, ಬೆಂಗಳೂರು ಮತ್ತು ಹೊರದೇಶಗಳಲ್ಲಿ ನೆಲೆಸಿದ ಮನೆಗಳಲ್ಲಿ. ಹಳ್ಳಿಯವನೆಂದು ಯಾರೂ ಆಡಿಕೊಳ್ಳಲಾರದ ಸ್ಥಾನವನ್ನು ತಲುಪಿದವನಿಗೆ ಮುತ್ಯಾನ ಹೆಸರು ಅಭಿಮಾನದ ವಸ್ತುವಾಗುತ್ತದೆ. ಗಲಗಲಿಯಂಥ ಊರುಗಳಲ್ಲಿ ಹೊಲದಲ್ಲಿ ದುಡಿಯುವ ತಾಯಿಯು ತನ್ನ ಮಗಳಿಗೆ ಪೇಟೆಯ ಹೆಸರನ್ನೇ ಬಯಸುವುದು ಅದೇ ಕಾರಣದ ಇನ್ನೊಂದು ಮುಖವಾದುದರಿಂದ, ಅವಳನ್ನು ಆಕ್ಷೇಪಿಸುವುದು ನ್ಯಾಯವಲ್ಲ. ಬಸವ, ಸಂಗಮ, ಅಲ್ಲಮರು ಪೇಟೆಯ ದಾರಿಯಿಂದ ಹಳ್ಳಿಯ ತೊಟ್ಟಿಲಿಗೆ ಹಿಂದಿರುಗುವ ಲಕ್ಷಣಗಳಿವೆ. ಅವ್ವ ಎಂಬ ಕೊನೆಯುಳ್ಳ ಹೆಸರುಗಳು ಮಾತ್ರ ಮುತ್ತಜ್ಜಿಯರ ಮತದಾರರ ಗುರುತುಚೀಟಿಗಳಲ್ಲಿ ಉಳಿದಿವೆ, ಹೊಸ ಜನನ ಪ್ರಮಾಣಪತ್ರಗಳಲ್ಲಿ ತೀರ ಅಪರೂಪ.