ಉದ್ಯೋಗ ಪ್ರಸ್ತಾವವನ್ನು ಇ-ಮೇಲ್ ಮೂಲಕ ನಿರಾಕರಿಸುವ ಕ್ರಮ: ಅಭ್ಯರ್ಥಿಗಳಿಗೆ ಮಾಹಿತಿ

ಉದ್ಯೋಗ ಮೇಳ, ಕ್ಯಾಂಪಸ್ ಸಂದರ್ಶನ ಅಥವಾ ನೇಮಕಾತಿ ಏಜೆನ್ಸಿಯ ಮೂಲಕ ಆಯ್ಕೆಯಾದ ಅಭ್ಯರ್ಥಿಗೆ ಕೆಲವೊಮ್ಮೆ ಒಂದೇ ವಾರದಲ್ಲಿ ಎರಡು ಸಂಸ್ಥೆಗಳಿಂದ ಉದ್ಯೋಗ ಪ್ರಸ್ತಾವ ಪತ್ರ, ಅಂದರೆ ಆಫರ್ ಲೆಟರ್, ಬರುವುದುಂಟು. ಉತ್ತಮವಾದುದನ್ನು ಒಪ್ಪಿಕೊಂಡ ಬಳಿಕ ಇನ್ನೊಂದು ಸಂಸ್ಥೆಗೆ ಯಾವಾಗ, ಯಾವ ರೀತಿ ತಿಳಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಈ ಮಾಹಿತಿಯು ಖಾಸಗಿ ಸಂಸ್ಥೆಗಳ ಹುದ್ದೆಗಳಿಗೆ ಮಾತ್ರ ಅನ್ವಯಿಸುತ್ತದೆ. ಸರ್ಕಾರಿ ಹುದ್ದೆಗಳಿಗೆ ಆಯಾ ನೇಮಕಾತಿ ಆದೇಶದ ಷರತ್ತುಗಳೇ ಅಂತಿಮ.

ನೇಮಕಾತಿ ಅಧಿಕಾರಿಗೆ ಆಗುವ ತೊಂದರೆ

ಅಭ್ಯರ್ಥಿಯು ನಿರಾಕರಿಸುವುದರಿಂದ ನೇಮಕಾತಿ ಅಧಿಕಾರಿಗೆ ಆಗುವ ತೊಂದರೆಗಿಂತ ಆತ ತಡವಾಗಿ ತಿಳಿಸುವುದರಿಂದ ಆಗುವ ತೊಂದರೆ ಹೆಚ್ಚು. ಪ್ರತಿ ಹುದ್ದೆಗೆ ಸಾಮಾನ್ಯವಾಗಿ ಎರಡನೆಯ ಆಯ್ಕೆಯ ಅಭ್ಯರ್ಥಿಯೊಬ್ಬರು ಇರುತ್ತಾರೆ. ಮೊದಲ ಅಭ್ಯರ್ಥಿಯ ಉತ್ತರ ಬರುವವರೆಗೆ ಅವರಿಗೆ ಏನೂ ಹೇಳಲಾಗುವುದಿಲ್ಲ, ವಾರ ಕಳೆದರೆ ಅವರೂ ಬೇರೆಡೆ ಸೇರಿರುತ್ತಾರೆ. ಏಜೆನ್ಸಿಯ ಮೂಲಕ ನಡೆಯುವ ನೇಮಕಾತಿಯಲ್ಲಿ ಅಭ್ಯರ್ಥಿಯು ಕೆಲಸಕ್ಕೆ ಹಾಜರಾದ ನಂತರವೇ ಏಜೆನ್ಸಿಗೆ ಶುಲ್ಕ ಸಲ್ಲುವುದು ಸಾಮಾನ್ಯ ಪದ್ಧತಿ. ಹೀಗಾಗಿ ಏನನ್ನೂ ತಿಳಿಸದೆ ಸೇರ್ಪಡೆಯ ದಿನ ಗೈರುಹಾಜರಾದವರ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ಸಕಾಲದಲ್ಲಿ ನಿರಾಕರಿಸಿದವರನ್ನು ಅದೇ ಅಧಿಕಾರಿಯು ಮುಂದಿನ ಹುದ್ದೆಗೆ ಪುನಃ ಕರೆಯುವುದು ಅಪರೂಪವೇನಲ್ಲ.

ಒಂದು ಉದಾಹರಣೆ

ವಿಜಯಪುರ ಜಿಲ್ಲೆಯ ಜೈನಾಪುರದ, ಮೆಕ್ಯಾನಿಕಲ್ ಡಿಪ್ಲೊಮಾ ಪಡೆದ ಅಭ್ಯರ್ಥಿಯೊಬ್ಬರಿಗೆ ಹುಬ್ಬಳ್ಳಿಯ ಸಂಸ್ಥೆಯೊಂದರಿಂದ ಜೂನ್ 5ರಂದು ಪ್ರಸ್ತಾವ ಪತ್ರ ಬಂದಿದೆ ಎಂದು ಭಾವಿಸೋಣ. ಹುದ್ದೆ ಕ್ವಾಲಿಟಿ ಇನ್‌ಸ್ಪೆಕ್ಟರ್, ಮಾಸಿಕ ವೇತನ 16,000 ರೂಪಾಯಿ. ಉತ್ತರಿಸಲು ಕೊನೆಯ ದಿನ ಜೂನ್ 12, ಸೇರ್ಪಡೆಯ ದಿನ ಜೂನ್ 23. ಅಷ್ಟರಲ್ಲಿ ಜೂನ್ 9ರಂದು ಬೆಳಗಾವಿಯ ಇನ್ನೊಂದು ಕಾರ್ಖಾನೆಯವರು ದೂರವಾಣಿ ಮೂಲಕ ಮಾತನಾಡಿ, 18,500 ರೂಪಾಯಿ ವೇತನದ ಹುದ್ದೆಗೆ ಆಯ್ಕೆಯಾಗಿರುವುದಾಗಿ ತಿಳಿಸುತ್ತಾರೆ.

ಅಭ್ಯರ್ಥಿಗಳು ಎಡವುವುದು ಹೆಚ್ಚಾಗಿ ಈ ಹಂತದಲ್ಲಿಯೇ. ದೂರವಾಣಿಯ ಮಾತನ್ನು ನಂಬಿ ಅಂದೇ ಹುಬ್ಬಳ್ಳಿಯ ಹುದ್ದೆಯನ್ನು ನಿರಾಕರಿಸಿದರೆ, ಬೆಳಗಾವಿಯ ಪತ್ರ ಬಾರದೆ ಹೋದಾಗ ಕೈಯಲ್ಲಿ ಎರಡೂ ಉಳಿಯುವುದಿಲ್ಲ. ವೇತನ, ಹುದ್ದೆಯ ಹೆಸರು, ಸೇರ್ಪಡೆಯ ದಿನಾಂಕ ಈ ಮೂರೂ ಬರಹದಲ್ಲಿ ಬಂದು, ಅಭ್ಯರ್ಥಿಯ ಒಪ್ಪಿಗೆ ತಲುಪಿದೆ ಎಂಬ ಮರುತ್ತರವೂ ಬಂದ ನಂತರವಷ್ಟೇ ಮೊದಲ ಸಂಸ್ಥೆಗೆ ಬರೆಯುವುದು ಸೂಕ್ತ. ಹೊಸ ಪತ್ರದಲ್ಲಿ ವೈದ್ಯಕೀಯ ತಪಾಸಣೆ ಅಥವಾ ದಾಖಲೆ ಪರಿಶೀಲನೆಗೆ ಒಳಪಟ್ಟು ಎಂಬ ಮಾತಿದ್ದಲ್ಲಿ ಅದನ್ನೂ ಗಮನಿಸತಕ್ಕದ್ದು. ಕೊನೆಯ ದಿನ ಸಮೀಪಿಸಿದ್ದರೆ ಮೊದಲ ಸಂಸ್ಥೆಯಲ್ಲಿ ಎರಡು ದಿನಗಳ ಕಾಲಾವಕಾಶ ಕೋರುವುದರಲ್ಲಿ ತಪ್ಪಿಲ್ಲ. ಸಮಯ ಪಡೆಯುವುದಕ್ಕಾಗಿ ಒಪ್ಪಿಗೆ ಬರೆದುಕೊಟ್ಟು ಆಮೇಲೆ ಹಿಂಪಡೆಯುವುದು ಮಾತ್ರ ಸರಿಯಲ್ಲ.

ಸದರಿ ಅಭ್ಯರ್ಥಿಗೆ ಜೂನ್ 10ರಂದು ಬೆಳಗಾವಿಯ ಪತ್ರ ಬಂದು, ಆತ ಅಂದೇ ಒಪ್ಪಿಗೆ ಕಳುಹಿಸಿ, 11ರ ಬೆಳಿಗ್ಗೆ ಮರುತ್ತರ ಪಡೆಯುತ್ತಾನೆ. ಹುಬ್ಬಳ್ಳಿಯ ಅಧಿಕಾರಿಗೆ ಅದೇ ದಿನ ಕಚೇರಿ ವೇಳೆಯಲ್ಲಿ ಒಂದು ಕರೆ ಮಾಡಿ, ಬಳಿಕ ಪ್ರಸ್ತಾವ ಬಂದ ಇ-ಮೇಲ್‌ಗೇ Reply ಒತ್ತಿ ಈ ಕೆಳಕಂಡಂತೆ ಬರೆಯಬಹುದು:

ವಿಷಯ: ಕ್ವಾಲಿಟಿ ಇನ್‌ಸ್ಪೆಕ್ಟರ್ ಹುದ್ದೆಯ ಪ್ರಸ್ತಾವವನ್ನು ಸ್ವೀಕರಿಸಲಾಗದಿರುವ ಬಗ್ಗೆ

ಮಾನ್ಯರೇ,
ಜೂನ್ 5ರ ತಮ್ಮ ಪ್ರಸ್ತಾವ ಪತ್ರಕ್ಕಾಗಿ ವಂದನೆಗಳು. ಬೇರೊಂದು ಸಂಸ್ಥೆಯ ಹುದ್ದೆಯನ್ನು ಒಪ್ಪಿಕೊಂಡಿರುವುದರಿಂದ ತಮ್ಮ ಸಂಸ್ಥೆಯ ಹುದ್ದೆಯನ್ನು ಸ್ವೀಕರಿಸಲು ನನಗೆ ಸಾಧ್ಯವಾಗುತ್ತಿಲ್ಲ. ಆ ಕೆಲಸವು ನನ್ನ ಡಿಪ್ಲೊಮಾ ಪ್ರಾಜೆಕ್ಟ್‌ನ ವಿಷಯಕ್ಕೆ ಹತ್ತಿರವಾದುದು. ವಿಜಯಪುರದಿಂದ ಬರುವ ಬಸ್ಸಿನ ವೇಳೆ ನೋಡಿಕೊಂಡು ನನ್ನ ಸಂದರ್ಶನವನ್ನು ಮಧ್ಯಾಹ್ನಕ್ಕೆ ಮುಂದೂಡಿದ ತಮ್ಮ ಉಪಕಾರವನ್ನು ಮರೆತಿಲ್ಲ. ಜೂನ್ 23ಕ್ಕೆ ಕಾದಿರಿಸಿದ ಸ್ಥಾನವನ್ನು ಬೇರೊಬ್ಬರಿಗೆ ನೀಡಲು ಅನುಕೂಲವಾಗಲೆಂದು ಇಂದೇ ತಿಳಿಸುತ್ತಿದ್ದೇನೆ. ತಮಗೆ ಉಂಟಾದ ತೊಂದರೆಗೆ ಕ್ಷಮೆ ಇರಲಿ.
ತಮ್ಮ ವಿಶ್ವಾಸಿ,
(ಹೆಸರು, ಮೊಬೈಲ್ ಸಂಖ್ಯೆ)

ನಿರಾಕರಣೆಯು ಎರಡನೆಯ ವಾಕ್ಯದಲ್ಲಿಯೇ ಬಂದಿರುವುದನ್ನು ಗಮನಿಸಬಹುದು. "ಸದ್ಯಕ್ಕೆ ಕಷ್ಟವಾಗಬಹುದು" ಎಂದು ಬರೆದಲ್ಲಿ ಅಧಿಕಾರಿಯು ಅದನ್ನು ವೇತನ ಹೆಚ್ಚಿಸುವ ಕೋರಿಕೆ ಎಂದು ತಿಳಿದು ಪುನಃ ಕರೆ ಮಾಡುವರು. ಕಾರಣಕ್ಕೆ ಒಂದು ವಾಕ್ಯ ಸಾಕು. ಹೊಸ ಸಂಸ್ಥೆಯ ಹೆಸರನ್ನಾಗಲಿ 18,500 ಎಂಬ ಅಂಕಿಯನ್ನಾಗಲಿ ತಿಳಿಸಬೇಕಾಗಿಲ್ಲ. ಅಧಿಕಾರಿಯೇ ಕೇಳಿದರೆ ಬಾಯಿಮಾತಿನಲ್ಲಿ ಹೇಳುವುದು ಅಭ್ಯರ್ಥಿಯ ಇಚ್ಛೆ. ತಾಯಿಯ ಅನಾರೋಗ್ಯ ಮುಂತಾದ ಸುಳ್ಳು ಕಾರಣಗಳು ಬೇಡ. ಒಂದೇ ವಲಯದ ನೇಮಕಾತಿ ಅಧಿಕಾರಿಗಳು ಪರಸ್ಪರ ಪರಿಚಿತರಾಗಿರುತ್ತಾರೆ. ಕೃತಜ್ಞತೆಯನ್ನು ಸಾಮಾನ್ಯ ಮಾತಿನಲ್ಲಿ ಹೇಳುವ ಬದಲು ನಡೆದ ಒಂದು ಸಂಗತಿಯನ್ನು ನೆನೆದು ಹೇಳಿದರೆ ಪತ್ರವು ನಕಲಿನಂತೆ ಕಾಣುವುದಿಲ್ಲ.

ಪ್ರಸ್ತಾವವು noreply ಎಂದು ಆರಂಭವಾಗುವ ವಿಳಾಸದಿಂದ ಬಂದಿದ್ದರೆ ಅದಕ್ಕೆ ನೀಡಿದ ಉತ್ತರವನ್ನು ಯಾರೂ ಓದುವುದಿಲ್ಲ. ಅಂತಹ ಸಂದರ್ಭದಲ್ಲಿ ಪತ್ರದೊಳಗೆ ಸಂಪರ್ಕಕ್ಕಾಗಿ ಸೂಚಿಸಿದ ವಿಳಾಸಕ್ಕೆ ಬರೆಯತಕ್ಕದ್ದು. ಕಳುಹಿಸಿದ ಕೆಲವೇ ನಿಮಿಷಗಳಲ್ಲಿ Mail Delivery Subsystem ಎಂಬ ಹೆಸರಿನಿಂದ ಸಂದೇಶ ಬಂದಲ್ಲಿ ಪತ್ರ ತಲುಪಿಲ್ಲವೆಂದು ತಿಳಿಯಬೇಕು.

ಈಗಾಗಲೇ ಒಪ್ಪಿಗೆ ನೀಡಿದ್ದಲ್ಲಿ

ಅಭ್ಯರ್ಥಿಯು ಜೂನ್ 6ರಂದೇ ಹುಬ್ಬಳ್ಳಿಗೆ ಒಪ್ಪಿಗೆ ಕಳುಹಿಸಿದ್ದರೆ ವಿಷಯ ಬೇರೆಯಾಗುತ್ತದೆ. ಭಾರತೀಯ ಒಪ್ಪಂದ ಅಧಿನಿಯಮ 1872ರ ಕಲಂ 5ರಂತೆ, ನೀಡಿದ ಒಪ್ಪಿಗೆಯನ್ನು ಅದು ಎದುರು ಪಕ್ಷಕ್ಕೆ ತಲುಪಿ ತಿಳಿಯುವ ಮುನ್ನ ಮಾತ್ರ ಹಿಂಪಡೆಯಬಹುದು. ಅಂಚೆಯ ಕಾಲದಲ್ಲಿ ಅದಕ್ಕೆ ಒಂದೆರಡು ದಿನಗಳಾದರೂ ದೊರೆಯುತ್ತಿದ್ದವು, ಇ-ಮೇಲ್‌ನಲ್ಲಿ ಕೆಲವು ಕ್ಷಣಗಳೂ ದೊರೆಯುವುದು ಕಷ್ಟ. ಹಾಗೆಂದು ಯಾವ ಸಂಸ್ಥೆಯೂ ಅಭ್ಯರ್ಥಿಯನ್ನು ಬಲವಂತವಾಗಿ ಕೆಲಸಕ್ಕೆ ಸೇರಿಸಿಕೊಳ್ಳಲಾಗದು. ಪತ್ರದ ಷರತ್ತಿನಂತೆ ಪರಿಹಾರ ಕೇಳಲು ಅವಕಾಶವಿರಬಹುದು. ಆದುದರಿಂದ ಸೇರ್ಪಡೆಗೆ ಮುನ್ನ ಹಿಂದೆ ಸರಿಯುವ ಬಗ್ಗೆ ಪತ್ರದಲ್ಲಿ ಏನಿದೆ, ಸಂಸ್ಥೆಯು ಪ್ರಯಾಣ ವೆಚ್ಚ ಅಥವಾ ಮುಂಗಡ ನೀಡಿದೆಯೇ ಎಂಬುದನ್ನು ಮೊದಲು ಪರಿಶೀಲಿಸತಕ್ಕದ್ದು. ಪಡೆದ ಮುಂಗಡವನ್ನು ಹಿಂತಿರುಗಿಸುವ ದಿನಾಂಕವನ್ನು ಅದೇ ಇ-ಮೇಲ್‌ನಲ್ಲಿ ನಮೂದಿಸಬೇಕು. "ನಿರಾಕರಿಸುತ್ತಿದ್ದೇನೆ" ಎಂಬುದರ ಬದಲು "ಜೂನ್ 6ರಂದು ನೀಡಿದ ಒಪ್ಪಿಗೆಯನ್ನು ಹಿಂಪಡೆಯುತ್ತಿದ್ದೇನೆ" ಎಂದೇ ಬರೆಯುವುದು ಪ್ರಾಮಾಣಿಕ. ಇಂತಹ ಸಂದರ್ಭದಲ್ಲಿ ಮುಂಚಿತವಾಗಿ ಕರೆ ಮಾಡುವುದು ಕಡ್ಡಾಯವೆಂದೇ ಭಾವಿಸಬೇಕು. ಅಧಿಕಾರಿಯು ಬೇಸರದಿಂದ ಮಾತನಾಡಿದರೆ ವಾದ ಮಾಡದೆ ಕೇಳಿಸಿಕೊಳ್ಳುವುದು ಒಳಿತು.

ಪತ್ರದ ನಂತರ

ಅದೇ ಹುದ್ದೆಗೆ ಅರ್ಹರಾದ ಸಹಪಾಠಿಯೊಬ್ಬರಿದ್ದು ಅವರ ಒಪ್ಪಿಗೆಯೂ ಇದ್ದಲ್ಲಿ, ಹೆಸರು ಮತ್ತು ಮೊಬೈಲ್ ಸಂಖ್ಯೆಯನ್ನು ಅಧಿಕಾರಿಗೆ ಸೂಚಿಸಬಹುದು. ಖಾಲಿ ಸ್ಥಾನ ತುಂಬುವ ಆತುರದಲ್ಲಿರುವವರಿಗೆ ಕ್ಷಮೆಯ ಮಾತಿಗಿಂತ ಇದರಿಂದ ಹೆಚ್ಚು ಸಹಾಯವಾಗುತ್ತದೆ. ಏಜೆನ್ಸಿಯ ಮೂಲಕ ಆಯ್ಕೆಯಾದವರು ಏಜೆನ್ಸಿ ಮತ್ತು ಸಂಸ್ಥೆ ಎರಡಕ್ಕೂ ತಿಳಿಸತಕ್ಕದ್ದು, ಮೊದಲು ಏಜೆನ್ಸಿಗೆ. ಸಂಸ್ಥೆಯ ಬಳಿ ಮೂಲ ಅಂಕಪಟ್ಟಿಗಳಿದ್ದರೆ ಅವುಗಳನ್ನು ಹಿಂಪಡೆಯುವ ಕೋರಿಕೆಯನ್ನು ಪ್ರತ್ಯೇಕ ಇ-ಮೇಲ್‌ನಲ್ಲಿ ಕಳುಹಿಸುವುದು ಉತ್ತಮ. ಕಳುಹಿಸಿದ ಪತ್ರ ಮತ್ತು ಅದಕ್ಕೆ ಬಂದ ಉತ್ತರದ ಪ್ರತಿಗಳನ್ನು ಕನಿಷ್ಠ ಹೊಸ ಕೆಲಸದ ಪರೀಕ್ಷಾರ್ಥ ಅವಧಿ ಮುಗಿಯುವವರೆಗಾದರೂ ಇಟ್ಟುಕೊಳ್ಳತಕ್ಕದ್ದು.