ಪ್ರತ್ಯೇಕ ಪಾಯದ ಅಳತೆ ನಿರ್ಧಾರ: ಮಣ್ಣಿನ ಧಾರಣ ಸಾಮರ್ಥ್ಯ, ಉತ್ಕೇಂದ್ರ ಭಾರ ಮತ್ತು ಪಂಚಿಂಗ್ ಶಿಯರ್ ಪರಿಶೀಲನೆ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ಆರ್.ಸಿ.ಸಿ. ಕಂಬಗಳ ಮೇಲೆ ಮನೆ ಕಟ್ಟುವವರು ಸಾಮಾನ್ಯವಾಗಿ ಪ್ರತಿ ಕಂಬಕ್ಕೂ ಒಂದು ಪ್ರತ್ಯೇಕ ಪಾಯವನ್ನು, ಅಂದರೆ ಐಸೊಲೇಟೆಡ್ ಫುಟಿಂಗನ್ನು ಹಾಕಿಸುತ್ತಾರೆ. ಈ ಪಾಯದ ಉದ್ದ, ಅಗಲ ಮತ್ತು ದಪ್ಪವನ್ನು ಪಕ್ಕದ ಮನೆಯ ಅಳತೆ ನೋಡಿ ನಿರ್ಧರಿಸುವುದು ಸರಿಯಲ್ಲ. ಉದ್ದಗಲವನ್ನು ಮಣ್ಣು ನಿರ್ಧರಿಸುತ್ತದೆ. ದಪ್ಪವನ್ನು ಬಹುಮಟ್ಟಿಗೆ ಪಂಚಿಂಗ್ ಶಿಯರ್ ಮತ್ತು ಏಕಮುಖ ಶಿಯರ್ ನಿರ್ಧರಿಸುತ್ತವೆ. ಈ ಕ್ರಮವನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

1. ಮಣ್ಣಿನ ಧಾರಣ ಸಾಮರ್ಥ್ಯ ಮತ್ತು ನಾಲೆಯ ನೀರು

ಈ ಪ್ರದೇಶದ ಎತ್ತರದ ದಿಣ್ಣೆಗಳಲ್ಲಿ ಕೆಂಪು ಮರಳುಮಿಶ್ರಿತ ಮಣ್ಣು, ಅದರ ಕೆಳಗೆ ಶಿಥಿಲಗೊಂಡ ನೈಸ್ ಕಲ್ಲು ದೊರೆಯುತ್ತದೆ. ತಗ್ಗಿನ ಗದ್ದೆಬಯಲುಗಳಲ್ಲಿ ಜೇಡಿ ಹೆಚ್ಚಿರುವ ಮಣ್ಣು ಕಂಡುಬರುತ್ತದೆ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯು ಈ ತಾಲ್ಲೂಕುಗಳ ಗದ್ದೆಗಳಿಗೆ ನೀರುಣಿಸುತ್ತದೆ. ನಾಲೆಯಲ್ಲಿ ನೀರು ಹರಿಯುವ ಕಾಲದಲ್ಲಿ ಗದ್ದೆಬಯಲಿನ ಅಂತರ್ಜಲ ಮಟ್ಟ ಮೇಲೇರುವುದರಿಂದ, ಗದ್ದೆಯನ್ನು ನಿವೇಶನವಾಗಿ ಪರಿವರ್ತಿಸಿದ ಜಾಗದಲ್ಲಿ ಬೇಸಿಗೆಯಲ್ಲಿ ಅಗೆದು ನೋಡಿದ ಮಣ್ಣು ಮಳೆಗಾಲದ ಮಣ್ಣಿನ ಸ್ಥಿತಿಯನ್ನು ತೋರಿಸುವುದಿಲ್ಲ.

ಭಾರತೀಯ ಮಾನಕ ಐಎಸ್ 6403ರ ಪ್ರಕಾರ, ನೀರಿನ ಮಟ್ಟವು ಪಾಯದ ತಳದಿಂದ ಪಾಯದ ಅಗಲದಷ್ಟು ಅಥವಾ ಅದಕ್ಕಿಂತ ಹೆಚ್ಚು ಕೆಳಗಿದ್ದರೆ ಧಾರಣ ಸಾಮರ್ಥ್ಯದ ಲೆಕ್ಕಕ್ಕೆ ಕಡಿತವಿಲ್ಲ. ನೀರು ಪಾಯದ ತಳಕ್ಕೆ ಬಂದರೆ, ಪಾಯದ ಅಗಲವನ್ನು ಅವಲಂಬಿಸಿದ ಪದವನ್ನು 0.5ರಿಂದ ಗುಣಿಸತಕ್ಕದ್ದು. ಪಾಯದ ತಳ 1.5 ಮೀ. ಆಳದಲ್ಲಿದ್ದು ಅಗಲ 2.4 ಮೀ. ಇದ್ದಲ್ಲಿ, ನೀರು 3.9 ಮೀ.ಗಿಂತ ಮೇಲೆ ಬಂದಾಗ ಕಡಿತ ಆರಂಭವಾಗುತ್ತದೆ. ಆದ್ದರಿಂದ ಮಣ್ಣಿನ ಪರೀಕ್ಷಾ ವರದಿಯಲ್ಲಿ ಯಾವ ನೀರಿನ ಮಟ್ಟಕ್ಕೆ ಲೆಕ್ಕ ಮಾಡಲಾಗಿದೆ ಎಂಬುದನ್ನು ಕೇಳಿ ತಿಳಿಯತಕ್ಕದ್ದು. ಅಕ್ಕಪಕ್ಕದ ತೆರೆದ ಬಾವಿಯಲ್ಲಿ ನಾಲೆಗೆ ನೀರು ಬಿಟ್ಟಾಗ ನೀರು ಎಲ್ಲಿಯವರೆಗೆ ಏರುತ್ತದೆ ಎಂಬ ಮಾಹಿತಿಯನ್ನು ವರದಿ ತಯಾರಿಸುವವರಿಗೆ ಒದಗಿಸುವುದು ಉಪಯುಕ್ತ. ಎರೆ ಮಣ್ಣಿನಲ್ಲಿ ಹಿಗ್ಗುವಿಕೆ ಮತ್ತು ಕುಗ್ಗುವಿಕೆಯೇ ಮುಖ್ಯ ತೊಂದರೆಯಾಗಿದ್ದು, ಅಲ್ಲಿ ಧಾರಣ ಸಾಮರ್ಥ್ಯದ ಅಂಕಿಯೊಂದರಿಂದಲೇ ಪಾಯವನ್ನು ನಿರ್ಧರಿಸಲಾಗದು.

2. ಉದಾಹರಣೆ

ಎರಡು ಅಂತಸ್ತಿನ ಮನೆಯೊಂದರ 300 x 300 ಮಿ.ಮೀ. ಕಂಬದ ಮೇಲೆ 600 ಕಿಲೋನ್ಯೂಟನ್ ಭಾರ ಬರುತ್ತದೆ. ರಸ್ತೆಯ ಕಡೆಗೆ ಚಾಚಿದ ಬಾಲ್ಕನಿಯ ಕಾರಣ ಕಂಬದ ಬುಡದಲ್ಲಿ 60 ಕಿಲೋನ್ಯೂಟನ್-ಮೀಟರ್ ಮೊಮೆಂಟ್ (ಬಾಗಿಸುವ ಬಲ) ಇದೆ. ನೀರು ಪಾಯದ ತಳಕ್ಕೆ ಬಂದ ಸ್ಥಿತಿಯಲ್ಲಿ ಸುರಕ್ಷಿತ ಧಾರಣ ಸಾಮರ್ಥ್ಯ ಚದರ ಮೀಟರಿಗೆ 150 ಕಿಲೋನ್ಯೂಟನ್ ಎಂದು ವರದಿ ತಿಳಿಸಿದೆ ಎಂದು ಭಾವಿಸೋಣ. ಪಾಯದ ಸ್ವಂತ ತೂಕಕ್ಕಾಗಿ ರೂಢಿಯಂತೆ ಶೇಕಡ 10 ಸೇರಿಸಿದರೆ ಒಟ್ಟು ಭಾರ 660 ಕಿಲೋನ್ಯೂಟನ್ ಆಗುತ್ತದೆ.

ಮೊಮೆಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬೇಕಾದ ವಿಸ್ತೀರ್ಣ 660 / 150 = 4.4 ಚದರ ಮೀಟರ್, ಅಂದರೆ 2.1 x 2.1 ಮೀ. ಸಾಕು ಎನಿಸುತ್ತದೆ. ಆದರೆ ಮೊಮೆಂಟಿನಿಂದ ಪಾಯದ ಒಂದು ಅಂಚಿನಲ್ಲಿ ಒತ್ತಡ ಹೆಚ್ಚಿ, ಎದುರು ಅಂಚಿನಲ್ಲಿ ಕಡಿಮೆಯಾಗುತ್ತದೆ. ಚೌಕಾಕಾರದ ಪಾಯಕ್ಕೆ ಸೂತ್ರ ಹೀಗಿದೆ:

```
q = P/B² ± 6M/B³
```

2.1 ಮೀ. ಪಾಯಕ್ಕೆ ಸರಾಸರಿ ಒತ್ತಡ 149.7, ಮೊಮೆಂಟಿನ ಪಾಲು 38.9, ಗರಿಷ್ಠ ಒತ್ತಡ 188.5 ಆಗುತ್ತದೆ. ಇದು ಮಣ್ಣಿನ ಸಾಮರ್ಥ್ಯಕ್ಕಿಂತ ಕಾಲುಭಾಗದಷ್ಟು ಹೆಚ್ಚು. ಗಾಳಿ ಅಥವಾ ಭೂಕಂಪದಿಂದ ಬರುವ ತಾತ್ಕಾಲಿಕ ಮೊಮೆಂಟ್‌ಗೆ ಮಾನಕಗಳು ಕೆಲವು ಸಂದರ್ಭಗಳಲ್ಲಿ ಸಾಮರ್ಥ್ಯದ ಹೆಚ್ಚಳಕ್ಕೆ ಅವಕಾಶ ಕೊಡುತ್ತವೆ. ಬಾಲ್ಕನಿಯ ಮೊಮೆಂಟ್ ಶಾಶ್ವತವಾದುದರಿಂದ ಆ ರಿಯಾಯಿತಿ ಇಲ್ಲಿ ಅನ್ವಯಿಸುವುದಿಲ್ಲ. 2.3 ಮೀ. ಪಾಯದಲ್ಲಿಯೂ ಗರಿಷ್ಠ ಒತ್ತಡ 154 ಬರುತ್ತದೆ. 2.4 ಮೀ. ಪಾಯದಲ್ಲಿ ಗರಿಷ್ಠ 140.6 ಹಾಗೂ ಕನಿಷ್ಠ 88.5 ಬರುವುದರಿಂದ 2.4 x 2.4 ಮೀ. ಪಾಯವನ್ನು ಆಯ್ಕೆ ಮಾಡಲಾಗಿದೆ.

3. ಉತ್ಕೇಂದ್ರತೆಯ ಮಿತಿ ಮತ್ತು ಗಡಿಯಂಚಿನ ಕಂಬ

ಮೊಮೆಂಟನ್ನು ಭಾರದಿಂದ ಭಾಗಿಸಿದರೆ ಉತ್ಕೇಂದ್ರತೆ ದೊರೆಯುತ್ತದೆ, ಅಂದರೆ ಭಾರವು ಪಾಯದ ಮಧ್ಯದಿಂದ ಎಷ್ಟು ದೂರ ಸರಿದಂತಾಗಿದೆ ಎಂಬ ಅಳತೆ. ಮೇಲಿನ ಉದಾಹರಣೆಯಲ್ಲಿ ಇದು 60 / 660 = 0.09 ಮೀ. ಈ ದೂರವು ಪಾಯದ ಉದ್ದದ ಆರನೇ ಒಂದು ಭಾಗಕ್ಕಿಂತ, ಇಲ್ಲಿ 0.4 ಮೀ.ಗಿಂತ, ಕಡಿಮೆಯಿದ್ದರೆ ಪಾಯದ ತಳವೆಲ್ಲವೂ ಮಣ್ಣನ್ನು ಒತ್ತಿ ಕುಳಿತಿರುತ್ತದೆ. ಮೀರಿದರೆ ಒಂದು ಅಂಚು ಮಣ್ಣಿನಿಂದ ಮೇಲೇಳಲು ತೊಡಗುತ್ತದೆ. ಆಗ ಮೇಲಿನ ಸೂತ್ರವನ್ನು ಬಳಸತಕ್ಕದ್ದಲ್ಲ. ಮಣ್ಣು ಎಳೆತವನ್ನು ತಡೆಯಲಾರದ ಕಾರಣ ಉಳಿದ ಭಾಗವೇ ಭಾರವೆಲ್ಲವನ್ನೂ ಹೊರಬೇಕಾಗುತ್ತದೆ:

```
q = 2P / [3B(L/2 - e)]
```

ಪಟ್ಟಣದ ಚಿಕ್ಕ ನಿವೇಶನಗಳಲ್ಲಿ ಗಡಿಯ ಗೋಡೆಗೆ ಅಂಟಿಕೊಂಡಂತೆ ಕಂಬ ನಿಲ್ಲಿಸುವುದು ಸಾಮಾನ್ಯ. ಪಾಯವು ಪಕ್ಕದ ನಿವೇಶನಕ್ಕೆ ಹೋಗುವಂತಿಲ್ಲವಾದ್ದರಿಂದ ಅದನ್ನು ಒಳಗಡೆಗೆ ಮಾತ್ರ ಚಾಚಲಾಗುತ್ತದೆ. ಇದೇ 2.4 ಮೀ. ಪಾಯದ ಅಂಚಿಗೆ ಕಂಬ ಬಂದರೆ ಉತ್ಕೇಂದ್ರತೆ 1.2 − 0.15 = 1.05 ಮೀ. ಆಗುತ್ತದೆ. ಆಗ ಮಣ್ಣನ್ನು ಮುಟ್ಟುವ ಪಟ್ಟಿಯ ಅಗಲ ಕೇವಲ 0.45 ಮೀ.; ಕಂಬದ ಭಾರ 600 ಕಿಲೋನ್ಯೂಟನ್ ಮಾತ್ರ ತೆಗೆದುಕೊಂಡರೂ ಅಂಚಿನ ಒತ್ತಡ 1,111 ಆಗುತ್ತದೆ. ಇದು ಮಣ್ಣಿನ ಸಾಮರ್ಥ್ಯದ ಏಳು ಪಟ್ಟಿಗೂ ಹೆಚ್ಚು. ಪಾಯವನ್ನು ಒಳಗಡೆಗೆ ಇನ್ನಷ್ಟು ಚಾಚಿದರೆ ಉತ್ಕೇಂದ್ರತೆಯೂ ಹೆಚ್ಚುವುದರಿಂದ ಪ್ರಯೋಜನವಿಲ್ಲ. ಇಂತಹ ಕಂಬವನ್ನು ಒಳಗಿನ ಕಂಬದ ಪಾಯದೊಂದಿಗೆ ಸ್ಟ್ರ್ಯಾಪ್ ಬೀಮ್‌ನಿಂದ ಜೋಡಿಸತಕ್ಕದ್ದು ಅಥವಾ ಎರಡೂ ಕಂಬಗಳಿಗೆ ಸೇರಿಸಿ ಸಂಯುಕ್ತ ಪಾಯ ಹಾಕತಕ್ಕದ್ದು.

4. ಪಂಚಿಂಗ್ ಶಿಯರ್ ಪರಿಶೀಲನೆ

ತೆಳುವಾದ ಪಾಯದಲ್ಲಿ ಕಂಬವು ತನ್ನ ಸುತ್ತಲಿನ ಕಾಂಕ್ರೀಟನ್ನು ಭೇದಿಸಿಕೊಂಡು ಕೆಳಗಿಳಿಯಬಹುದು. ಮೇಜಿನ ಕಾಲು ಮೆದುನೆಲವನ್ನು ತೂತುಮಾಡಿದಂತಹ ಈ ಕುಸಿತವನ್ನು ಪಂಚಿಂಗ್ ಎನ್ನುತ್ತಾರೆ. ಇದು ಮಣ್ಣಿನಡಿಯಲ್ಲಿ ನಡೆಯುವುದರಿಂದ ಕಣ್ಣಿಗೆ ಕಾಣುವುದಿಲ್ಲ ಮತ್ತು ಮುನ್ಸೂಚನೆ ಕೊಡುವುದು ಕಡಿಮೆ. ಐಎಸ್ 456:2000ರ ಪ್ರಕಾರ ಕಂಬದ ಮುಖದಿಂದ ಪಾಯದ ಪರಿಣಾಮಕಾರಿ ಆಳದ ಅರ್ಧದಷ್ಟು ದೂರದಲ್ಲಿ ಕಂಬದ ಸುತ್ತ ಎಳೆದ ಚೌಕದ ಮೇಲೆ ಈ ಪರಿಶೀಲನೆ ನಡೆಸತಕ್ಕದ್ದು. ಪರಿಣಾಮಕಾರಿ ಆಳವೆಂದರೆ ಪಾಯದ ಮೇಲ್ಮೈಯಿಂದ ಕಬ್ಬಿಣದ ಜಾಲರಿಯ ಮಧ್ಯದವರೆಗಿನ ಆಳ.

ಮಣ್ಣಿನಲ್ಲಿ ಹೂತಿರುವ ಆರ್.ಸಿ.ಸಿ.ಗೆ ಸದರಿ ಮಾನಕದಂತೆ ಕನಿಷ್ಠ ಎಂ25 ಕಾಂಕ್ರೀಟ್ ಬೇಕು. ಅದಕ್ಕೆ ಅನುಮತಿಸಿದ ಪಂಚಿಂಗ್ ಶಿಯರ್ 0.25√25 = 1.25 ನ್ಯೂಟನ್ ಪ್ರತಿ ಚದರ ಮಿ.ಮೀ. ಭಾರ ಮತ್ತು ಮೊಮೆಂಟನ್ನು 1.5ರಿಂದ ಗುಣಿಸಿದರೆ 900 ಕಿಲೋನ್ಯೂಟನ್ ಹಾಗೂ 90 ಕಿಲೋನ್ಯೂಟನ್-ಮೀಟರ್ ದೊರೆಯುತ್ತದೆ. ಪಾಯದ ಸ್ವಂತ ತೂಕವನ್ನು ಅದರಡಿಯ ಮಣ್ಣೇ ನೇರವಾಗಿ ಹೊರುವುದರಿಂದ ಇಲ್ಲಿ ಅದನ್ನು ಸೇರಿಸತಕ್ಕದ್ದಲ್ಲ. ಮಣ್ಣಿನ ಸರಾಸರಿ ಮೇಲ್ಮುಖ ಒತ್ತಡ 900 / 5.76 = 156 ಆಗುತ್ತದೆ.

ಮೊದಲು 350 ಮಿ.ಮೀ. ದಪ್ಪದ ಪಾಯವನ್ನು ನೋಡೋಣ. 50 ಮಿ.ಮೀ. ಕವರ್ ಮತ್ತು 12 ಮಿ.ಮೀ. ಸರಳು ಕಳೆದರೆ ಪರಿಣಾಮಕಾರಿ ಆಳ 288 ಮಿ.ಮೀ. ಚೌಕದ ಬದಿ 588 ಮಿ.ಮೀ., ಸುತ್ತಳತೆ 2,352 ಮಿ.ಮೀ. ಚೌಕದೊಳಗಿನ ಮಣ್ಣು 54 ಕಿಲೋನ್ಯೂಟನ್ ಹೊರುವುದರಿಂದ ಪಂಚಿಂಗ್ ಬಲ 846 ಕಿಲೋನ್ಯೂಟನ್. ಇದನ್ನು ಸುತ್ತಳತೆ ಮತ್ತು ಆಳದಿಂದ ಭಾಗಿಸಿದರೆ 1.249 ಬರುತ್ತದೆ. ಮಿತಿಗಿಂತ ಕೂದಲೆಳೆಯಷ್ಟು ಕಡಿಮೆಯಿರುವುದರಿಂದ ಪಾಯ ಸಾಕೆಂದು ತೋರಬಹುದು. ಆದರೆ ಮೊಮೆಂಟಿನ ಒಂದು ಪಾಲು, ಚೌಕಾಕಾರದ ಕಂಬಕ್ಕೆ ಶೇಕಡ 40, ಇದೇ ಚೌಕದ ಮೇಲೆ ಶಿಯರ್ ಆಗಿ ವರ್ಗವಾಗುತ್ತದೆ. ಇದರಿಂದ ಒತ್ತಡ ಹೆಚ್ಚಿರುವ ಬದಿಯಲ್ಲಿ ಇನ್ನೂ 0.256 ಸೇರಿ ಒಟ್ಟು 1.50 ಆಗುತ್ತದೆ. ಪಾಯ ಸಾಲದು.

450 ಮಿ.ಮೀ. ದಪ್ಪದಲ್ಲಿ ಪರಿಣಾಮಕಾರಿ ಆಳ 388 ಮಿ.ಮೀ., ಸುತ್ತಳತೆ 2,752 ಮಿ.ಮೀ., ಪಂಚಿಂಗ್ ಬಲ 826 ಕಿಲೋನ್ಯೂಟನ್. ಭಾರದಿಂದ 0.774, ಮೊಮೆಂಟಿನಿಂದ 0.136, ಒಟ್ಟು 0.91. ಇದು 1.25ಕ್ಕಿಂತ ಕಡಿಮೆಯಿರುವುದರಿಂದ ಸುರಕ್ಷಿತ.

ಕಂಬದ ಮುಖದಿಂದ ಪರಿಣಾಮಕಾರಿ ಆಳದಷ್ಟು ದೂರದಲ್ಲಿ, ಪಾಯದ ಪೂರ್ತಿ ಅಗಲಕ್ಕೆ, ಏಕಮುಖ ಶಿಯರನ್ನೂ ನೋಡತಕ್ಕದ್ದು. ಇಲ್ಲಿ ಅದು 0.315. ಎರಡೂ ದಿಕ್ಕಿನಲ್ಲಿ 12 ಮಿ.ಮೀ. ಎಫ್ಇ500 ಸರಳುಗಳನ್ನು 150 ಮಿ.ಮೀ. ಅಂತರದಲ್ಲಿ ಹಾಕಿದರೆ ಕಾಂಕ್ರೀಟಿನ ಸಾಮರ್ಥ್ಯ 0.32 ಆಗುವುದರಿಂದ ಇದು ಸಾಕು. ಬಾಗುವಿಕೆಗೂ ಈ ಕಬ್ಬಿಣ ಸಾಲುತ್ತದೆ.

5. ಕಾಮಗಾರಿ ಸ್ಥಳದಲ್ಲಿ ಗಮನಿಸಬೇಕಾದ ಅಂಶಗಳು

ಲೆಕ್ಕದಲ್ಲಿ ಬಂದ ಸುರಕ್ಷತೆ ಗುಂಡಿಯಲ್ಲಿ ಕಳೆದುಹೋಗುವುದು ಮುಖ್ಯವಾಗಿ ಎರಡು ಕಾರಣಗಳಿಂದ. ಒಂದು, ಗುಂಡಿಯಲ್ಲಿ ನೀರು ನಿಂತು ತಳ ಮೆದುವಾಗುವುದು ಅಥವಾ ಹೆಚ್ಚು ಅಗೆದು ಅದೇ ಮಣ್ಣು ತುಂಬಿ ಮಟ್ಟ ಮಾಡುವುದು. ಕೊನೆಯ ಪದರವನ್ನು ಬೆಡ್ ಕಾಂಕ್ರೀಟ್ ಹಾಕುವ ದಿನವೇ ತೆಗೆಯತಕ್ಕದ್ದು. ಹೆಚ್ಚು ಅಗೆದಲ್ಲಿ ಬೆಡ್ ಕಾಂಕ್ರೀಟಿನಿಂದಲೇ ತುಂಬತಕ್ಕದ್ದು. ತಳದಲ್ಲಿ ನಿಂತವರ ಹಿಮ್ಮಡಿ ಹೂತರೆ ಆ ಮಣ್ಣು ವರದಿಯಲ್ಲಿ ಹೇಳಿದ ಮಣ್ಣಲ್ಲ ಎಂದು ತಿಳಿದು ಎಂಜಿನಿಯರರಿಗೆ ತೋರಿಸತಕ್ಕದ್ದು.

ಎರಡು, ಇಳಿಜಾರು ಪಾಯ. ಕಂಬದ ಬಳಿ 450 ಮಿ.ಮೀ. ಇದ್ದು ಅಂಚಿಗೆ ತೆಳುವಾಗುವ ಪಾಯದಲ್ಲಿ, ಪಂಚಿಂಗ್ ನೋಡುವ ಚೌಕದ ಬಳಿ ಆಳ ಆಗಲೇ ಕಡಿಮೆಯಾಗಿರುತ್ತದೆ. ಆ ಜಾಗದ ನಿಜವಾದ ಆಳದಿಂದಲೇ ಲೆಕ್ಕ ಮಾಡತಕ್ಕದ್ದು. ಈ ಲೇಖನದ ಅಂಕಿಗಳು ಏಕರೂಪದ ದಪ್ಪಕ್ಕೆ ಮಾತ್ರ ಅನ್ವಯಿಸುತ್ತವೆ.

ಪಾಯ ಅಸಮವಾಗಿ ಕುಸಿದಿದ್ದರೆ ಕಿಟಕಿ ಮೂಲೆಗಳಿಂದ ಓರೆಯಾಗಿ ಹೊರಡುವ ಬಿರುಕು ಮತ್ತು ಬಾಗಿಲು ಬಿಗಿಯುವುದು ಅದರ ಲಕ್ಷಣಗಳು. ನಾಲೆಗೆ ನೀರು ಬಿಟ್ಟ ನಂತರ ಇವು ಹೆಚ್ಚುತ್ತಿದ್ದರೆ ದಿನಾಂಕ ಬರೆದು ಬಿರುಕಿನ ಅಗಲವನ್ನು ಅಳೆದಿಟ್ಟುಕೊಂಡು ರಚನಾ ಎಂಜಿನಿಯರರನ್ನು ಸಂಪರ್ಕಿಸುವುದು ಸೂಕ್ತ. ಮೇಲಂತಸ್ತು ಕಟ್ಟುವ ಮುನ್ನ ಹಳೆಯ ಪಾಯದ ಉದ್ದಗಲ ಮತ್ತು ದಪ್ಪ ಎರಡನ್ನೂ ಹೊಸ ಭಾರಕ್ಕೆ ಮತ್ತೊಮ್ಮೆ ಪರಿಶೀಲಿಸತಕ್ಕದ್ದು. ಇಲ್ಲಿನ ಅಳತೆಗಳು ಉದಾಹರಣೆಗಾಗಿ ಮಾತ್ರ. ಪ್ರತಿ ನಿವೇಶನಕ್ಕೂ ಅದರದೇ ಮಣ್ಣಿನ ವರದಿ ಮತ್ತು ಭಾರದ ಲೆಕ್ಕ ಅವಶ್ಯಕ.