ತಂತಿ ಮೊದಲು, ಹಳಿ ಆಮೇಲೆ: ಬಳ್ಳಾರಿ ಸೀಮೆಯಲ್ಲಿ 19ನೇ ಶತಮಾನದ ದಂಡಿನ ನಡೆ

ಟೆಲಿಗ್ರಾಫ್ ಮತ್ತು ರೈಲು 19ನೇ ಶತಮಾನದ ಯುದ್ಧವನ್ನು ಬದಲಿಸಿದವು ಎನ್ನುವಾಗ ಇತಿಹಾಸಕಾರರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಯುರೋಪಿನ ಮಟ್ಟಿಗೆ ಅದು ಹೆಚ್ಚು ತಪ್ಪಲ್ಲ, ಅಲ್ಲಿ ಎರಡೂ ಹೆಚ್ಚುಕಡಿಮೆ ಜೊತೆಯಾಗಿಯೇ ಹರಡಿದವು. ಬಳ್ಳಾರಿ ಸೀಮೆಯಲ್ಲಿ ಹಾಗಾಗಲಿಲ್ಲ. ಇಲ್ಲಿ ತಂತಿ 1850ರ ದಶಕದ ನಡುವೆ ಬಂತು, ಹಳಿ ಬಂದದ್ದು 1870ರ ಹೊತ್ತಿಗೆ. ನಡುವಿನ ಹದಿನೈದು ವರ್ಷ ಆಜ್ಞೆ ಮಿಂಚಿನ ವೇಗದಲ್ಲಿ ಬರುತ್ತಿತ್ತು, ದಂಡು ಮಾತ್ರ ಎತ್ತಿನ ವೇಗದಲ್ಲೇ ನಡೆಯುತ್ತಿತ್ತು. 1858ರಲ್ಲಿ ಸುರಪುರ, ಕೊಪ್ಪಳ ಮತ್ತು ನರಗುಂದದಲ್ಲಿ ನಡೆದ ಕಾಳಗಗಳು ಈ ನಡುಗಾಲದಲ್ಲೇ ಬರುತ್ತವೆ. ಎರಡು ಸಾಧನಗಳಲ್ಲಿ ಯಾವುದು ಏನನ್ನು ಬದಲಿಸಿತು ಎಂದು ಬೇರ್ಪಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇಲ್ಲಿ ‘ಬಳ್ಳಾರಿ ಸೀಮೆ’ ಎಂದರೆ 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲದ ಪಶ್ಚಿಮ ಭಾಗ. ಇಂದು ಆಂಧ್ರಕ್ಕೆ ಸೇರಿರುವ, ಕನ್ನಡ ಮಾತು ಇನ್ನೂ ಮನೆಮನೆಯಲ್ಲಿರುವ ರಾಯದುರ್ಗ ಮತ್ತು ಮಡಕಶಿರಾ ಎರಡೂ ಆಗ ಬಳ್ಳಾರಿ ಜಿಲ್ಲೆಯವೇ. 1882ರಲ್ಲಿ ಅನಂತಪುರ ಜಿಲ್ಲೆಯಾದಾಗ ಮಡಕಶಿರಾ ಅಲ್ಲಿಗೆ ಹೋಯಿತು, ರಾಯದುರ್ಗ 1953ರವರೆಗೂ ಬಳ್ಳಾರಿಯಲ್ಲೇ ಉಳಿಯಿತು. ಎರಡೂ ಊರುಗಳ ನೆತ್ತಿಯ ಮೇಲೆ ಪಾಳೆಗಾರರ ಬೆಟ್ಟದ ಕೋಟೆಗಳಿವೆ. ಆ ಕೋಟೆಗಳ ಬಲ ಕಲ್ಲಿನ ಗೋಡೆಯಲ್ಲಿ ಎಷ್ಟಿತ್ತೋ ಮುತ್ತಿಗೆ ಹಾಕಿದವನ ಎತ್ತುಗಳ ಹೊಟ್ಟೆಯಲ್ಲೂ ಅಷ್ಟೇ ಇತ್ತು. ಮಳೆ ಕಡಿಮೆಯ ಈ ನೆಲದಲ್ಲಿ ಕೆಳಗೆ ಬೀಡುಬಿಟ್ಟ ದಂಡಿನ ಮೇವು ತೀರುವವರೆಗೆ ಮೇಲಿನವರು ತಾಳಿಕೊಂಡರೆ ಸಾಕಿತ್ತು.

ಹಳೆಯ ಕ್ರಮದಲ್ಲಿ ದಂಡೊಂದು ಹೇಗೆ ಸೋಲುತ್ತಿತ್ತು ಎಂಬುದಕ್ಕೆ 1791ರ ಮೇ ತಿಂಗಳು ಸಾಕ್ಷಿ. ಕಾರ್ನ್‌ವಾಲಿಸ್ ಅರಕೆರೆಯಲ್ಲಿ ಟಿಪ್ಪುವಿನ ಸೈನ್ಯವನ್ನು ಹಿಂದೂಡಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿದ್ದ. ಆದರೆ ತೋಪು ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು, ಅಕ್ಕಿ ಮುಗಿದಿತ್ತು. ಕೋಟೆ ಒಡೆಯಲೆಂದು ಅಷ್ಟು ದೂರ ಎಳೆದು ತಂದ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಬೆಂಗಳೂರಿನತ್ತ ತಿರುಗಿದ. ತಿರುಗಿದ ಮೊದಲ ದಿನವೇ ಮೇಲುಕೋಟೆಯ ಕಡೆಯಲ್ಲಿ ಒಂದು ದೊಡ್ಡ ಕುದುರೆ ಪಡೆ ಎದುರಾಯಿತು. ಅದು ಶತ್ರುವಿನದಲ್ಲ, ಹರಿಪಂತ ಫಡಕೆ ಮತ್ತು ಪರಶುರಾಮ ಭಾವೂ ನಡೆಸಿಕೊಂಡು ಬಂದ ಮರಾಠರ ದಂಡು, ಕಾರ್ನ್‌ವಾಲಿಸ್‌ನ ಮಿತ್ರರದು. ಅವರ ಹಿಂದೆ ಧಾನ್ಯದ ಬಜಾರೇ ಬಂದಿತ್ತು. ಅವರು ಹತ್ತಿರದಲ್ಲಿದ್ದಾರೆಂಬ ಸುದ್ದಿ ಇವನಿಗೆ ಮುಟ್ಟಿರಲಿಲ್ಲ, ಏಕೆಂದರೆ ಟಿಪ್ಪುವಿನ ಕುದುರೆ ಸವಾರರು ನಡುವಿನ ದಾರಿಯಲ್ಲಿ ಹರಕಾರರನ್ನು ತಡೆದಿದ್ದರು. ಒಂದೇ ವಾರದಲ್ಲಿ ಎರಡು ಕೊರತೆಗಳು ಒಟ್ಟಿಗೆ ಹೊಡೆದವು: ಸಾಗಣೆ ಇಲ್ಲದ್ದರಿಂದ ತೋಪು ಹೋಯಿತು, ಸುದ್ದಿ ಇಲ್ಲದ್ದರಿಂದ ಮಿತ್ರರು ಬಂದದ್ದೂ ತಿಳಿಯಲಿಲ್ಲ. ಮುಂದಿನ ಶತಮಾನದ ಎರಡು ಸಾಧನಗಳು ನೀಗಿಸಹೊರಟದ್ದು ಈ ಎರಡು ಕೊರತೆಗಳನ್ನೇ.

ಮೊದಲು ಬಂದದ್ದು ಸುದ್ದಿಗೆ ಮದ್ದು. ಓಶಾಗ್ನೆಸಿಯ ಮೇಲ್ವಿಚಾರಣೆಯಲ್ಲಿ ಎಳೆದ ಸರ್ಕಾರಿ ತಂತಿ 1855ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮುಂಬಯಿ–ಮದ್ರಾಸ್ ಸಾಲು ದಖ್ಖನ್ ದಾಟಿ ಬಳ್ಳಾರಿಯ ಮಾರ್ಗವಾಗಿ ಹಾದುಹೋಗುತ್ತಿತ್ತು. 1857ರಲ್ಲಿ ಉತ್ತರದಲ್ಲಿ ಇದರ ಬೆಲೆ ತಿಳಿಯಿತು. ಮೇ 11ರಂದು ದೆಹಲಿಯಿಂದ ಅಂಬಾಲಕ್ಕೆ ಹೋದ ತಂತಿ ಲಾಹೋರ್ ಮುಟ್ಟಿ, 13ರ ಬೆಳಿಗ್ಗೆ ಅಲ್ಲಿನ ಸಿಪಾಯಿಗಳ ಕೈಯಿಂದ ಬಂದೂಕು ಕಸಿಯಲಾಯಿತು. ದಂಗೆಯೆದ್ದವರೂ ಇದನ್ನು ಬೇಗ ಅರಿತರು. ತಂತಿ ಕಂಡಲ್ಲಿ ಕಡಿದರು, ಕಡಿದ ಕಬ್ಬಿಣವನ್ನು ಗುಂಡಿಗೆ ಬಳಸಿದರು.

ದಕ್ಷಿಣದ ಪ್ರಶ್ನೆ ಬೇರೆಯಾಗಿತ್ತು. ಸುರಪುರ, ಕೊಪ್ಪಳ, ನರಗುಂದ ಮೂರೂ ಹಲವು ಆಡಳಿತಗಳ ಸಂದಿಯಲ್ಲಿದ್ದವು. ಸುರಪುರ ಮತ್ತು ಕೊಪ್ಪಳ ನಿಜಾಮನ ನಾಡು, ಅದರಲ್ಲೂ ಕೊಪ್ಪಳ ಸಾಲಾರ್ ಜಂಗನ ಜಾಗೀರು. ನರಗುಂದ ಮುಂಬಯಿ ಪ್ರಾಂತದ ನೆರಳಿನಲ್ಲಿದ್ದ ಸಂಸ್ಥಾನ. ಬಳ್ಳಾರಿಯ ದಂಡು ಮದ್ರಾಸಿನ ಹುಕುಮಿನಲ್ಲಿತ್ತು. ಹಿಂದಾಗಿದ್ದರೆ ಒಂದು ಪ್ರಾಂತದ ಸೇನಾಧಿಕಾರಿ ಇನ್ನೊಂದರ ಗಡಿ ದಾಟಬೇಕಾದರೆ ಪತ್ರಗಳು ವಾರಗಟ್ಟಲೆ ಓಡಾಡುತ್ತಿದ್ದವು, ಅಷ್ಟರಲ್ಲಿ ಗಡಿಯಾಚೆಯ ಕೋಟೆ ಕಾಳು ತುಂಬಿಕೊಂಡಿರುತ್ತಿತ್ತು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಹೋದಾಗ ಈ ಬೇಲಿ ಇರಲಿಲ್ಲ. ಮುಂಬಯಿಯ ಕಡೆಯಿಂದ ಕರ್ನಲ್ ಮಾಲ್ಕಂನ ದಂಡು, ಮದ್ರಾಸಿನ ಕಡೆಯಿಂದ ಹ್ಯೂಸ್‌ನ ದಂಡು, ಹೈದರಾಬಾದ್ ಕಂಟಿಂಜೆಂಟಿನ ವಿಂಡಂನ ತುಕಡಿ, ಮೂರೂ ಒಂದೇ ಗುರಿಗೆ ಹೊರಟಿದ್ದವು. ಫೆಬ್ರವರಿ 7ರ ರಾತ್ರಿ ವಿಂಡಂನ ಬಿಡಾರದ ಮೇಲೆ ಸುರಪುರದವರು ಬಿದ್ದರು. ಮರುದಿನದ ಕಾದಾಟದಲ್ಲಿ ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೆ ಸುತ್ತಲಿನಿಂದ ದಂಡುಗಳು ಕೂಡಿಬರುತ್ತಿರುವುದು ತಿಳಿದು ರಾಜ ಆ ರಾತ್ರಿಯೇ ಊರು ಬಿಟ್ಟ. ಮುತ್ತಿಗೆ ನಡೆಯಲೇ ಇಲ್ಲ.

ಮೇ ತಿಂಗಳ ಕಥೆ ಇನ್ನೂ ತಿಳಿಯಾಗಿದೆ. ಮುಂಡರಗಿ ಭೀಮರಾಯ ತಿಂಗಳ ಕೊನೆಯ ವಾರದಲ್ಲಿ ಡಂಬಳದ ಖಜಾನೆ ಹಿಡಿದು, ಹಮ್ಮಿಗೆಯ ಕೆಂಚನಗೌಡನ ಜೊತೆ ಕೊಪ್ಪಳದ ಕೋಟೆ ಸೇರಿದ. ನರಗುಂದದ ಬಾಬಾಸಾಹೇಬನಿಗೆ ದತ್ತಕದ ಹಕ್ಕು ನಿರಾಕರಿಸಿದ್ದರು, ಆತನೂ ಎದ್ದ. ದಕ್ಷಿಣ ಮರಾಠಾ ಪ್ರಾಂತದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೆಲವೇ ಸವಾರರೊಂದಿಗೆ ಪಲ್ಲಕ್ಕಿಯಲ್ಲಿ ರಾಮದುರ್ಗಕ್ಕೆ ಬಂದ. ಅಲ್ಲಿನ ದೊರೆ ಬಾಬಾಸಾಹೇಬನ ಸಂಬಂಧಿಯೇ, ನರಗುಂದದ ದಾರಿ ಹಿಡಿಯಬೇಡಿ ಎಂದು ಎಚ್ಚರಿಸಿದ್ದ. ಮ್ಯಾನ್ಸನ್ ಹೊರಟು ಸುರೇಬಾನದಲ್ಲಿ ತಂಗಿದ. ಮೇ 29ರ ರಾತ್ರಿ ನರಗುಂದದವರು ಅಲ್ಲಿಗೆ ನುಗ್ಗಿ ಅವನನ್ನು ಕೊಂದು, ತಲೆಯನ್ನು ನರಗುಂದದ ಬಾಗಿಲಿಗೆ ತೂಗಿಹಾಕಿದರು.

ಈ ಸಾವನ್ನು ನಾನು ತಂತಿಯ ಮಿತಿಯ ಉದಾಹರಣೆಯಾಗಿ ಓದುತ್ತೇನೆ. ಟೆಲಿಗ್ರಾಫ್ ಒಂದು ಗೆರೆ. ಗೆರೆಯ ಮೇಲಿರುವ ಊರಿಗೆ ಸುದ್ದಿ ಕ್ಷಣದಲ್ಲಿ ಬರುತ್ತದೆ, ಗೆರೆಯಿಂದ ಹತ್ತು ಮೈಲಿ ಒಳಗಿರುವವನು 1791ರಲ್ಲೇ ಇರುತ್ತಾನೆ. ರಾಮದುರ್ಗ, ಸುರೇಬಾನ, ನರಗುಂದದ ನಡುವೆ ಓಡಾಡಿದ್ದು ಸವಾರ ಮತ್ತು ಚೀಟಿ ಮಾತ್ರ. ಅಲ್ಲಿ ಏಜೆಂಟನಿಗಿಂತ ಬಾಬಾಸಾಹೇಬನ ಬೇಹುಗಾರರೇ ವೇಗವಾಗಿದ್ದರು.

ಆದರೆ ಮುಂದಿನ ನಾಲ್ಕು ದಿನ ನೋಡಿ. ಜೂನ್ 1ರಂದು ಹ್ಯೂಸ್ ಕೊಪ್ಪಳದ ಕೋಟೆ ಹೊಕ್ಕ, ಭೀಮರಾಯ ಹೋರಾಡುತ್ತಲೇ ಮಡಿದ. ಜೂನ್ 2ಕ್ಕೆ ಮಾಲ್ಕಂ ನರಗುಂದ ಹಿಡಿದ. ತಪ್ಪಿಸಿಕೊಂಡಿದ್ದ ಬಾಬಾಸಾಹೇಬನನ್ನು ತೋರಗಲ್ಲಿನ ಕಾಡಿನಲ್ಲಿ ಹಿಡಿದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಒಂದು ಗಜ ಹಳಿಯೂ ಇಲ್ಲದ ಸೀಮೆಯಲ್ಲಿ ಇಷ್ಟು ಬೇಗ ಹೇಗೆ ಸಾಧ್ಯವಾಯಿತು? ಬಳ್ಳಾರಿಯಿಂದ ಕೊಪ್ಪಳಕ್ಕೆ ಸುಮಾರು 95 ಕಿಲೋಮೀಟರು. ಕಾಲಾಳು ದಿನಕ್ಕೆ 16ರಿಂದ 19 ಕಿಲೋಮೀಟರು ನಡೆದರೆ ಹೆಚ್ಚು, ತೋಪಿನ ಎತ್ತುಗಳು ಅದಕ್ಕಿಂತ ಮುಂದೆ ಹೋಗಲಾರವು. ಅಂದರೆ ಆರು ದಿನದ ನಡಿಗೆ. ಸುದ್ದಿ ಬಂದ ಮೇಲೆ ದಂಡು ಕಟ್ಟಿ, ಎತ್ತು ಹುಡುಕಿ, ದಿನಸಿ ಹೇರಿ ಹೊರಡುವಷ್ಟು ಹೊತ್ತು ಇರಲಿಲ್ಲ. ಸುರಪುರದ ನಂತರ ಎರಡೂ ದಂಡುಗಳನ್ನು ಮನೆಗೆ ಕಳಿಸದೆ ಬಯಲಿನಲ್ಲೇ ಇಟ್ಟಿದ್ದರಿಂದ ಈ ವೇಗ ಬಂತು ಎಂಬುದು ನನ್ನ ನಿಲುವು. ತಂತಿ ದಂಡಿನ ಕಾಲಿಗೆ ವೇಗ ಕೊಡಲಿಲ್ಲ, ಯಾವ ದಂಡನ್ನು ಎಲ್ಲಿ ಕಾಯಿಸಿರಬೇಕು ಎಂದು ಮೊದಲೇ ತೀರ್ಮಾನಿಸುವ ಶಕ್ತಿಯನ್ನು ದೂರದ ಕಚೇರಿಗಳಿಗೆ ಕೊಟ್ಟಿತು. ಬೆಟ್ಟದ ಕೋಟೆಯ ಹಳೆಯ ಲೆಕ್ಕ ಕೆಟ್ಟದ್ದು ಹೀಗೆ. ಭೀಮರಾಯನಿಗೆ ಕೊಪ್ಪಳದಲ್ಲಿ ಸಿಕ್ಕದ್ದು ಕೆಲವೇ ದಿನ. ಗೋಡೆ ಎತ್ತರವಿತ್ತು, ಕಾಳು ಕೂಡಿಡಲು ಕಾಲವಿರಲಿಲ್ಲ.

ಜೂನ್ 1 ಎಂಬ ತಾರೀಖಿಗೂ ಅರ್ಥವಿದೆ. ಇನ್ನೆರಡು ಮೂರು ವಾರ ತಡವಾಗಿದ್ದರೆ ಮಲೆನಾಡಿನ ಮಳೆಗೆ ತುಂಗಭದ್ರೆ ತುಂಬಿ, ಬಳ್ಳಾರಿಯ ಕಡೆಯ ದಂಡು ತೋಪುಗಳನ್ನು ಹರಿಗೋಲಿನಲ್ಲಿ ದಾಟಿಸಬೇಕಾಗುತ್ತಿತ್ತು. ಋತುಮಾನದ ಈ ಕಟ್ಟನ್ನು ತಂತಿ ಬಿಚ್ಚಲಾರದು, ಅದಕ್ಕೆ ಸೇತುವೆ ಬೇಕು. ಮದ್ರಾಸ್ ರೈಲ್ವೆಯ ಸಾಲು ಗುತ್ತಿ, ಗುಂತಕಲ್ಲು ಹಾದು, ತುಂಗಭದ್ರೆಯನ್ನು ಸೇತುವೆಯ ಮೇಲೆ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮುಂಬಯಿಯ ಹಳಿಯನ್ನು ಕೂಡಿತು. ಬಳ್ಳಾರಿಗೆ ಕವಲು ಹಳಿ ಬಂತು. ಬಳ್ಳಾರಿಯಿಂದ ರಾಯಚೂರಿಗೆ ಸುಮಾರು 170 ಕಿಲೋಮೀಟರು, ಕಾಲ್ನಡಿಗೆಯಲ್ಲಿ ಹತ್ತು ದಿನ. ಗಂಟೆಗೆ 25 ಕಿಲೋಮೀಟರು ಓಡುವ ನಿಧಾನದ ದಂಡಿನ ಗಾಡಿಗೆ ಅದು ಏಳು ಗಂಟೆಯ ದಾರಿ. ಅದಕ್ಕಿಂತ ಮುಖ್ಯವಾಗಿ, ಇಳಿದ ಸಿಪಾಯಿ ದಣಿದಿರುವುದಿಲ್ಲ, ದಾರಿಯಲ್ಲಿ ಮೇವು ತಿನ್ನುವ ಎತ್ತು ಇರುವುದಿಲ್ಲ, ಮಳೆಗಾಲ ಬೇಸಿಗೆ ಎರಡೂ ಒಂದೇ.

ತಂತಿ ಮತ್ತು ಹಳಿ ಎರಡೂ ಕೂಡಿದಾಗಿನ ಪೂರ್ಣ ಸ್ವರೂಪ ಕಂಡದ್ದು ಬೊಹೀಮಿಯದಲ್ಲಿ. 1866ರಲ್ಲಿ ಪ್ರಷ್ಯ ಐದು ರೈಲು ಸಾಲುಗಳಲ್ಲಿ ಸೈನ್ಯವನ್ನು ಗಡಿಗೆ ತಂದಿತು. ಆಸ್ಟ್ರಿಯದ ಉತ್ತರ ದಂಡು ಕೂಡಬೇಕಿದ್ದ ಮೊರಾವಿಯಕ್ಕೆ ವಿಯೆನ್ನಾದಿಂದ ಇದ್ದದ್ದು ಒಂದೇ ಸಾಲು. ಮೋಲ್ಟ್ಕೆ ಜೂನ್ ಕೊನೆಯವರೆಗೂ ಬರ್ಲಿನಿನಲ್ಲೇ ಕೂತು ತಂತಿಯ ಮೂಲಕ ಸೇನೆಗಳನ್ನು ನಡೆಸಿದ. ಆದರೂ ಕೋನಿಗ್‌ಗ್ರೆಟ್ಸ್ ಕಾಳಗದ ಹಿಂದಿನ ರಾತ್ರಿ ಯುವರಾಜನ ಸೇನೆಯನ್ನು ಕರೆಸುವ ಆಜ್ಞೆ ಹೋದದ್ದು ಕುದುರೆ ಸವಾರನ ಕೈಯಲ್ಲಿ, ಏಕೆಂದರೆ ಎರಡು ಸೇನೆಗಳ ನಡುವೆ ತಂತಿ ಇರಲಿಲ್ಲ. ಯುವರಾಜ ಮಧ್ಯಾಹ್ನಕ್ಕೆ ಬಂದು ಸೇರಿದ್ದರಿಂದ ಪ್ರಷ್ಯ ಕಾಳಗ ಗೆದ್ದಿತು. ಸುರೇಬಾನದಲ್ಲಿ ಏಜೆಂಟನ ಜೀವ ತೆಗೆದ ಅದೇ ಬಿರುಕು ಅಲ್ಲೂ ಇತ್ತು.

ಹಳಿಗೂ ಇಂಥದೇ ಒಂದು ಕೊನೆ ಇದೆ, ಅದನ್ನು ನಮ್ಮ ಸೀಮೆ ಯುದ್ಧವಿಲ್ಲದೆಯೇ ಕಂಡಿತು. 1876–78ರ ಬರದಲ್ಲಿ ರೈಲು ಧಾನ್ಯವನ್ನು ನಿಲ್ದಾಣಗಳಿಗೆ ತಂದು ಸುರಿಯಿತು. ಅಲ್ಲಿಂದ ಹಳ್ಳಿಗೆ ಒಯ್ಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಹಳಿ ಮುಟ್ಟದ ತಾಲೂಕುಗಳಿಗೆ ನಿಲ್ದಾಣದ ಮೂಟೆಗಳು ಇದ್ದೂ ಇಲ್ಲದಂತಾದವು. ಕಾರ್ನ್‌ವಾಲಿಸ್‌ನ ತೋಪುಗಳು ನಿಂತದ್ದೂ ಇದೇ ಕಾರಣಕ್ಕೆ.

ಆ ಬರದ ನಂತರ ಬಂದ ಸದರ್ನ್ ಮರಾಠಾ ರೈಲ್ವೆ ಬಳ್ಳಾರಿ–ಹೊಸಪೇಟೆ ಸಾಲನ್ನು 1884ರಲ್ಲಿ ತೆರೆದು ಕೊಪ್ಪಳ, ಗದಗಿನ ಕಡೆ ಸಾಗಿತು. 1858ರ ಕಾಳಗದ ನೆಲದ ಮೇಲೆಯೇ ಹಳಿ ಬಿತ್ತು, ಆದರೆ ಮೀಟರ್ ಗೇಜಿನಲ್ಲಿ. 1893ರಲ್ಲಿ ಗುಂತಕಲ್ಲಿನಿಂದ ಹಿಂದೂಪುರಕ್ಕೆ ಬಂದದ್ದೂ ಮೀಟರ್ ಗೇಜೇ, ಮಡಕಶಿರಾದವರಿಗೆ ಹತ್ತಿರದ ನಿಲ್ದಾಣ ಅದಾಯಿತು. ರಾಯದುರ್ಗಕ್ಕೆ ಕವಲು ಹಳಿ ಬರಲು 20ನೇ ಶತಮಾನ ಹುಟ್ಟಬೇಕಾಯಿತು. ಮದ್ರಾಸ್ ಸಾಲಿನ ಅಗಲ ಐದೂವರೆ ಅಡಿ, ಮೀಟರ್ ಗೇಜಿನದು ಒಂದು ಮೀಟರು. ಗೇಜ್ ಬದಲಾಗುವಲ್ಲಿ ತೋಪು, ಕುದುರೆ, ಹುಲ್ಲಿನ ಹೊರೆ, ಮದ್ದಿನ ಪೆಟ್ಟಿಗೆ ಎಲ್ಲವನ್ನೂ ಕೈಯಿಂದ ಇಳಿಸಿ ಇನ್ನೊಂದು ಗಾಡಿಗೆ ಹೇರಬೇಕು. ದಂಡಿನ ಸಾಗಣೆಗೆ ಇದು ಎಂಥ ತೊಡಕು ಎಂದು ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು. ಪಂಜಾಬ್ ಮತ್ತು ಸಿಂಧೂ ಕಣಿವೆಯ ಸಾಲುಗಳನ್ನು ಮೀಟರ್ ಗೇಜಿನಲ್ಲಿ ಮೊದಲುಮಾಡಿ, ಅಫ್ಘನ್ ಗಡಿಗೆ ಸೈನ್ಯ ಒಯ್ಯಲು ಆಗದೆಂದು 1870ರ ದಶಕದಲ್ಲೇ ಬ್ರಾಡ್ ಗೇಜಿಗೆ ತಿರುಗಿಸಿದರು. ಬಳ್ಳಾರಿಯ ಪಶ್ಚಿಮಕ್ಕೆ ಅಂಥ ಖರ್ಚು ಮಾಡಲಿಲ್ಲ. 1858ರಲ್ಲಿ ಮೂರು ಆಡಳಿತಗಳ ದಂಡು ಕೂಡಿಸಿ ಗೆಲ್ಲಬೇಕಾದ ನೆಲವನ್ನು 1884ರ ಸರ್ಕಾರ ಜೋಳ ಸಾಗಿಸುವ ನೆಲವೆಂದಷ್ಟೇ ಎಣಿಸಿತ್ತು.